ಸ್ಪ್ರಿಂಕ್ಲರ್ ಬಿಲ್ಲಿನಲ್ಲಿ ಹೆಚ್ಚು ಬಿದ್ದ ತೆರಿಗೆ: ಗ್ರಾಹಕರಿಗೆ ಏನು ಹೇಳುವುದು, ಹೇಗೆ ತಿದ್ದುವುದು?

ಪ್ರಶ್ನೆ: ಬಿಲ್ಲಿಂಗ್ ನೌಕರ, ಕೃಷಿ ಸಲಕರಣೆ ಅಂಗಡಿ, ಮೂಡಿಗೆರೆ

ಮೇಡಂ, 2026ರ ಜನವರಿ 28ರಂದು ಒಬ್ಬ ಕಾಫಿ ಬೆಳೆಗಾರರಿಗೆ ಎಂಟು ಸ್ಪ್ರಿಂಕ್ಲರ್ ಜೆಟ್ ಮತ್ತು ಅರವತ್ತು ಎಚ್‌ಡಿಪಿಇ ಪೈಪುಗಳ ಬಿಲ್ ಮಾಡಿದ್ದೆ. ಒಟ್ಟು 86,120 ರೂಪಾಯಿ. 50,000 ಕೊಟ್ಟು ಉಳಿದದ್ದನ್ನು ಉದ್ರಿ ಬರೆಸಿದ್ದಾರೆ. ನಿನ್ನೆ ಬಿಲ್ಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಕೊಂಡು ಬಂದು, "ಈಗ ತೆರಿಗೆ ಶೇ 5 ಮಾತ್ರ, ನೀವು 8,420 ರೂಪಾಯಿ ಹೆಚ್ಚು ಹಿಡಿದಿದ್ದೀರಿ" ಎಂದರು. ಜೆಟ್‌ಗೆ ಶೇ 12 ಬಿದ್ದಿರುವುದು ನಿಜ. ಜನವರಿಯ ಜಿಎಸ್‌ಟಿಆರ್-1 ಸಲ್ಲಿಸಿ ಆಗಿದೆ. ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲ. ಅವರಿಗೆ ಏನು ಹೇಳಲಿ, ಬಿಲ್ಲನ್ನು ಹೇಗೆ ತಿದ್ದಲಿ?

ಉತ್ತರ: ತೆರಿಗೆ ಸಲಹೆಗಾರ್ತಿ, ಹಾಸನ

ಮೊದಲು ಲೆಕ್ಕವನ್ನು ಎರಡು ಭಾಗ ಮಾಡಿಕೊಳ್ಳಿ, ಏಕೆಂದರೆ ನಿಮ್ಮ ಗ್ರಾಹಕರು ಒಂದು ಸಾಲಿನ ವಿಷಯದಲ್ಲಿ ಸರಿ, ಇನ್ನೊಂದು ಸಾಲಿನ ವಿಷಯದಲ್ಲಿ ಸರಿಯಲ್ಲ. ಅವರು ಹೇಳಿದ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಜೆಟ್‌ಗಳ ಬೆಲೆ 20,000, ಪೈಪುಗಳ ಬೆಲೆ 54,000 ಎಂದು ಬರುತ್ತದೆ. ನಿಮ್ಮ ಪ್ರತಿಯೊಂದಿಗೆ ತಾಳೆ ನೋಡಿ. ಸ್ಪ್ರಿಂಕ್ಲರ್ ಮತ್ತು ಹನಿ ನೀರಾವರಿ ಸಲಕರಣೆಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆದ್ದರಿಂದ ಜೆಟ್‌ಗಳಿಗೆ 2,400 ರೂಪಾಯಿಯ ಬದಲು 1,000 ರೂಪಾಯಿ ತೆರಿಗೆ ಬೀಳಬೇಕಿತ್ತು, ಹೆಚ್ಚಾದದ್ದು 1,400. ಬಿಡಿಯಾಗಿ ಮಾರಿದ ಪ್ಲಾಸ್ಟಿಕ್ ಪೈಪಿನ ದರ ಮೊದಲೂ ಶೇ 18, ಈಗಲೂ ಶೇ 18. ಪತ್ರಿಕೆಯಲ್ಲಿ "ನೀರಾವರಿ ಸಲಕರಣೆ ಶೇ 5" ಎಂದು ಓದಿದವರು ಪೈಪನ್ನೂ ಅದರೊಳಗೆ ಸೇರಿಸಿಕೊಂಡು 7,020 ರೂಪಾಯಿಯನ್ನು ಕೂಡಿಸಿದ್ದಾರೆ. ಇದು ಅವರ ಹಟವಲ್ಲ, ಸಹಜವಾದ ಓದು; ಹಾಗೆಂದೇ ಭಾವಿಸಿ ಮಾತನಾಡಿ.

ಗ್ರಾಹಕರ ಎದುರು 1,400 ರೂಪಾಯಿಯ ತಪ್ಪನ್ನು ಮೊದಲು ಒಪ್ಪಿಕೊಳ್ಳಿ, ಪೈಪಿನ ಮಾತನ್ನು ಆಮೇಲೆ ತೆಗೆಯಿರಿ. ಕ್ರಮ ತಿರುವುಮುರುವಾದರೆ ನೀವು ವಾದಕ್ಕೆ ನಿಂತಂತೆ ಕಾಣುತ್ತದೆ, ಒಪ್ಪಿಕೊಂಡ ತಪ್ಪೂ ಒತ್ತಾಯಕ್ಕೆ ಒಪ್ಪಿಕೊಂಡಂತಾಗುತ್ತದೆ. "ಕಂಪ್ಯೂಟರ್ ತಪ್ಪು" ಎಂದು ಮಾತ್ರ ಹೇಳಬೇಡಿ. ತಪ್ಪು ಎಲ್ಲಿ ಆಯಿತೆಂದು ಕಂಡುಕೊಂಡು ಅದನ್ನೇ ಹೇಳಿ. ನನ್ನ ಅಂದಾಜಿನಲ್ಲಿ ಟ್ಯಾಲಿಯಲ್ಲಿ ಗುಂಪಿನ ದರವನ್ನು ಸೆಪ್ಟೆಂಬರಿನಲ್ಲಿ ಬದಲಿಸಿದ್ದೀರಿ, ಆದರೆ ಈ ಜೆಟ್‌ನ ಐಟಂನಲ್ಲಿ ದರವನ್ನು ಪ್ರತ್ಯೇಕವಾಗಿ ನಮೂದಿಸಿದ್ದಿರಬೇಕು. ಐಟಂನಲ್ಲಿ ದರ ಬರೆದಿದ್ದರೆ ಅದು ಗುಂಪಿನ ದರವನ್ನು ಕೇಳುವುದಿಲ್ಲ. ಒಮ್ಮೆ ತೆರೆದು ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು

ನೋಡಿದೆ ಮೇಡಂ, ಬೆಲೆಗಳು ನೀವು ಹೇಳಿದಷ್ಟೇ ಇವೆ. ಒಂದೇ ಜೆಟ್ ಎರಡು ಹೆಸರಿನಲ್ಲಿದೆ, ಒಂದರಲ್ಲಿ "ಸ್ಪ್ರಿಂಕ್ಲರ್", ಇನ್ನೊಂದರಲ್ಲಿ "ಸ್ಪಿಂಕ್ಲರ್". ಎರಡನೆಯದನ್ನು ಹಿಂದಿನ ಹುಡುಗ ಸೇರಿಸಿದ್ದು. ಅದರಲ್ಲಿ ಶೇ 12 ಹಾಗೆಯೇ ಕುಳಿತಿದೆ.

ಅಂಗಡಿ ಮಾಲೀಕರು, ಸಕಲೇಶಪುರ

ಇಷ್ಟು ದೊಡ್ಡದು ಮಾಡುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಹಳೆಯ ಸ್ಟಾಕನ್ನು ನಾವು ಶೇ 12 ತೆರಿಗೆ ಕೊಟ್ಟೇ ಕೊಂಡಿದ್ದೇವೆ. ಅಲ್ಲದೆ ಗ್ರಾಹಕರು ಜೆಟ್‌ಗಳಿಗೆ 22,400 ಎಂದು ಒಟ್ಟಾಗಿ ಮಾತನಾಡಿಯೇ ಒಪ್ಪಿದ್ದರೆ, ಮೂಲ ಬೆಲೆಯನ್ನು ಸ್ವಲ್ಪ ಏರಿಸಿ ಶೇ 5 ತೋರಿಸಿ ಅದೇ ನಂಬರಿನಲ್ಲಿ ಬಿಲ್ಲನ್ನು ಮತ್ತೆ ಪ್ರಿಂಟ್ ಮಾಡಿಕೊಟ್ಟರಾಯಿತು. ಒಟ್ಟು ಮೊತ್ತ ಬದಲಾಗದಿದ್ದ ಮೇಲೆ ಹೆಚ್ಚು ಹಿಡಿದದ್ದು ಎಲ್ಲಿ ಬಂತು?

ತೆರಿಗೆ ಸಲಹೆಗಾರ್ತಿ, ಹಾಸನ

ಬಿಲ್ ಮಾಡುವ ಮೊದಲು ಒಟ್ಟು ಬೆಲೆಗೆ ಮಾತಾಗಿದ್ದರೆ ಮೂಲ ಬೆಲೆಯನ್ನು ಹಿಂದಕ್ಕೆ ಲೆಕ್ಕ ಹಾಕಿ ಬರೆಯುವುದರಲ್ಲಿ ತಪ್ಪಿರಲಿಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಇಲ್ಲಿ ಬಿಲ್ ಗ್ರಾಹಕರ ಕೈಯಲ್ಲಿದೆ; ಅದರಲ್ಲಿ ಬೆಲೆ 20,000, ತೆರಿಗೆ 2,400 ಎಂದು ಬೇರೆಬೇರೆಯಾಗಿ ಅಚ್ಚಾಗಿದೆ. ತೆರಿಗೆ ಎಂದು ಹಿಡಿದ ಹಣ ಸರ್ಕಾರಕ್ಕೆ ಹೋಗಬೇಕು, ಇಲ್ಲವೇ ಕೊಟ್ಟವರಿಗೆ ಮರಳಬೇಕು. ಅದನ್ನು ನಂತರ ಬೆಲೆಯೊಳಗೆ ತಳ್ಳಿ ಅಂಗಡಿಯ ಆದಾಯ ಮಾಡಿಕೊಳ್ಳಲು ಬರುವುದಿಲ್ಲ. ಹಳೆಯ ಸ್ಟಾಕಿನ ಮೇಲೆ ಕೊಟ್ಟ ಶೇ 12 ಅಂಗಡಿಯ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಣವಾಗಿ, ಖಾತೆಯಲ್ಲಿ ಇದೆ. ಜನವರಿಯಲ್ಲಿ ಮಾಲು ಕೊಟ್ಟು ಜನವರಿಯಲ್ಲೇ ಬಿಲ್ ಮಾಡಿದ್ದರಿಂದ ಮಾರಾಟದ ದರ ಶೇ 5 ಮಾತ್ರ.

ಅದೇ ನಂಬರಿನ ಬಿಲ್ಲನ್ನು ತಿದ್ದಿ ಪ್ರಿಂಟ್ ಮಾಡಿದರೆ ಊರಿನಲ್ಲಿ ಒಂದೇ ನಂಬರಿನ ಎರಡು ಬಿಲ್‌ಗಳು ಓಡಾಡುತ್ತವೆ, ಸಲ್ಲಿಸಿದ ರಿಟರ್ನ್ ಮೂರನೆಯದೇ ಒಂದು ಲೆಕ್ಕ ಹೇಳುತ್ತದೆ. ಸರಿಯಾದ ದಾರಿ ಕ್ರೆಡಿಟ್ ನೋಟ್, ಅಂದರೆ ಹಳೆಯ ಬಿಲ್ಲನ್ನು ಹಾಗೆಯೇ ಇಟ್ಟು ಅದರಲ್ಲಿ ಹೆಚ್ಚಾದ ಮೊತ್ತವನ್ನು ಕಡಿಮೆ ಮಾಡಿ ಕೊಡುವ ಪತ್ರ. ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೆಯ ಕಲಂ ಇಂಥ ಸಂದರ್ಭಕ್ಕೆಂದೇ ಇದೆ.

ಪ್ರಶ್ನೆ ಕೇಳಿದವರಿಗೆ: ಟ್ಯಾಲಿಯಲ್ಲಿ `Alt+F6` ಒತ್ತಿ ಕ್ರೆಡಿಟ್ ನೋಟ್ ತೆರೆಯಿರಿ, ಹಳೆಯ ಬಿಲ್ಲಿನ ನಂಬರ್ ಮತ್ತು ದಿನಾಂಕ ನಮೂದಿಸಿ, ಕಾರಣದಲ್ಲಿ `04-Correction in Invoice` ಆರಿಸಿ. ಮಾಲಿನ ಬೆಲೆಯಲ್ಲಿ ಬದಲಾವಣೆ ಇಲ್ಲ. ಕೇಂದ್ರದ ತೆರಿಗೆ 700, ರಾಜ್ಯದ ತೆರಿಗೆ 700 ಕಡಿಮೆಯಾಗುತ್ತದೆ. ಗ್ರಾಹಕರು ನೋಂದಣಿ ಇಲ್ಲದವರಾದ್ದರಿಂದ ಕ್ರೆಡಿಟ್ ನೋಟ್ ಕೊಟ್ಟ ತಿಂಗಳ ಜಿಎಸ್‌ಟಿಆರ್-1ರ 7ನೆಯ ಕೋಷ್ಟಕದಲ್ಲಿ ಶೇ 12ರ ಸಾಲಿನಿಂದ 20,000 ಕಳೆದು, ಶೇ 5ರ ಸಾಲಿಗೆ 20,000 ಸೇರಿಸಿ. ಶೇ 12ರ ಸಾಲು ಮೈನಸ್ ಆಗಿ ಕಂಡರೆ ಗಾಬರಿಯಾಗಬೇಡಿ. ಕೆಲವು ಆಡಿಟರ್‌ಗಳು ಜೆಟ್‌ನ ಸಾಲನ್ನು ಪೂರ್ತಿ ವಾಪಸ್ ತೋರಿಸಿ ಹೊಸ ಬಿಲ್ ಮಾಡಿಸುತ್ತಾರೆ. ಮಾಲು ವಾಪಸ್ ಬಾರದೆ ವಾಪಸ್ ಎಂದು ಬರೆಯುವುದು ನನಗೆ ಒಗ್ಗುವುದಿಲ್ಲ. ಆದರೆ ನಿಮ್ಮ ಆಡಿಟರ್ ಹಾಗೆ ಹೇಳಿದರೂ ಕೊನೆಗೆ ಬರುವುದು ಅದೇ 1,400.

ಈ ಬಿಲ್ 2025–26ರದು. ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸಲು 2026ರ ನವೆಂಬರ್ 30ರವರೆಗೆ ಸಮಯವಿದೆ. ವಾರ್ಷಿಕ ರಿಟರ್ನನ್ನು ಅದಕ್ಕೂ ಮೊದಲು ಸಲ್ಲಿಸಿದರೆ ಅಂದಿಗೇ ಬಾಗಿಲು ಮುಚ್ಚುತ್ತದೆ. ಆಮೇಲೆಯೂ ಗ್ರಾಹಕರಿಗೆ ಹಣ ಕೊಡಬಹುದು, ಆದರೆ ಅದು ಅಂಗಡಿಯ ಕೈಯಿಂದ ಹೋಗುತ್ತದೆ.

ಹೋಂಸ್ಟೇ ನಡೆಸುವವರು, ಚಿಕ್ಕಮಗಳೂರು

ನನಗೂ ಹೀಗೆಯೇ ಆಗಿದೆ. ಮನೆಗೆ ಬೀಗ ಇದ್ದ ಎರಡು ತಿಂಗಳು ಸರಾಸರಿ ಹಾಕಿ ವಿದ್ಯುತ್ ಬಿಲ್ ಕೊಟ್ಟರು, ಮೂರು ಬಾರಿ ಕಚೇರಿಗೆ ಅಲೆದೆ. ಅದಕ್ಕೂ ಕ್ರೆಡಿಟ್ ನೋಟ್ ಕೇಳಬಹುದೇ? ಇನ್ನೊಂದು ಸಂಗತಿ, ನಾನು ಡಿಸೆಂಬರಿನಲ್ಲಿ ಬೇರೊಂದು ಅಂಗಡಿಯಿಂದ ತೋಟಕ್ಕೆಂದು ತಂದ ಜೆಟ್‌ಗಳ ಬಿಲ್ಲನ್ನು ಹೋಂಸ್ಟೇಯ ಜಿಎಸ್‌ಟಿ ನಂಬರಿಗೆ ಮಾಡಿಸಿದ್ದೆ. ಅದರಲ್ಲಿಯೂ ಶೇ 12 ಇದೆ.

ತೆರಿಗೆ ಸಲಹೆಗಾರ್ತಿ, ಹಾಸನ

ವಿದ್ಯುತ್ ಬಿಲ್ಲಿನ ವಿಷಯ ಬೇರೆ: ಅಲ್ಲಿ ತಪ್ಪಿದ್ದು ರೀಡಿಂಗ್, ದರವಲ್ಲ. ಮೀಟರಿನ ಫೋಟೋದೊಂದಿಗೆ ಲಿಖಿತ ಅರ್ಜಿ ಕೊಡಿ, ಇಲ್ಲಿ ಬೆಳೆಸುವುದು ಬೇಡ.

ಎರಡನೆಯದರ ಬಗ್ಗೆ: ನೋಂದಣಿ ನಂಬರಿಗೆ ಮಾಡಿದ ಬಿಲ್ಲಾದರೆ ಅಂಗಡಿಯವರು ಕ್ರೆಡಿಟ್ ನೋಟನ್ನು ನಿಮ್ಮ ನಂಬರಿನ ಮೇಲೆಯೇ 9ಬಿ ಕೋಷ್ಟಕದಲ್ಲಿ ತೋರಿಸುತ್ತಾರೆ, ನೀವು ಪಡೆದಿರುವ ಇನ್‌ಪುಟ್ ಕ್ರೆಡಿಟ್‌ನಲ್ಲಿ ಅಷ್ಟನ್ನು ಬಿಟ್ಟುಕೊಡಬೇಕಾಗುತ್ತದೆ. ತೋಟದ ಜೆಟ್‌ಗೆ ಹೋಂಸ್ಟೇಯ ಹೆಸರಿನಲ್ಲಿ ಕ್ರೆಡಿಟ್ ಪಡೆದದ್ದೇ ಸರಿಯೇ ಎಂಬುದನ್ನು ನಿಮ್ಮ ಆಡಿಟರ್ ಜೊತೆ ಕುಳಿತು ಮಾತನಾಡಿ.

ಪ್ರಶ್ನೆ ಕೇಳಿದವರು

ಮೇಡಂ, ಮಾಲೀಕರು 1,400 ರೂಪಾಯಿಗೆ ಒಪ್ಪಿದರು. ನಗದಾಗಿ ಕೊಡುವುದೋ, ಬಾಕಿಯಲ್ಲಿ ಮುರಿಯುವುದೋ? ಕಾಫಿ ಮಾರಿದ ಮೇಲೆ ಉಳಿದ ಹಣ ಕೊಡುವುದಾಗಿ ಅವರು ಹೇಳಿದ್ದಾರೆ.

ತೆರಿಗೆ ಸಲಹೆಗಾರ್ತಿ, ಹಾಸನ

ಬಾಕಿ ಇರುವುದರಿಂದ ಅದರಲ್ಲೇ ಮುರಿಯಿರಿ: 36,120 ಇದ್ದದ್ದು 34,720 ಆಗುತ್ತದೆ. ಆದರೆ ನಿಮ್ಮ ಖಾತೆಯಲ್ಲಿ ಮುರಿದರೆ ಸಾಲದು, ಅವರಿಗೆ ಬರಹದಲ್ಲಿ ಗೊತ್ತಾಗಬೇಕು. ತೆರಿಗೆಯ ಹೊರೆ ಗ್ರಾಹಕರ ಮೇಲೆಯೇ ಉಳಿದಿದ್ದರೆ ಅಂಗಡಿಯು ತನ್ನ ತೆರಿಗೆಯನ್ನು ಕಡಿಮೆ ತೋರಿಸುವಂತಿಲ್ಲ. ನಾಳೆ ಅಧಿಕಾರಿ ಕೇಳಿದರೆ ಅವರ ಸಹಿ ಇರುವ ಪ್ರತಿಯೇ ನಿಮ್ಮ ಆಧಾರ. ನಾನು ಬರೆಸುವ ಪತ್ರ ಸುಮಾರಾಗಿ ಹೀಗಿರುತ್ತದೆ:

"ಮಾನ್ಯರೇ, ದಿನಾಂಕ 28-1-2026ರ ನಮ್ಮ ಬಿಲ್ಲಿನಲ್ಲಿ ಸ್ಪ್ರಿಂಕ್ಲರ್ ಜೆಟ್‌ಗಳಿಗೆ ಶೇ 5ರ ಬದಲು ಶೇ 12 ತೆರಿಗೆ ಹಿಡಿಯಲಾಗಿದೆ. ನಮ್ಮ ಲೆಕ್ಕದಲ್ಲಿ ಈ ಮಾಲು ಎರಡು ಹೆಸರಿನಲ್ಲಿದ್ದು, ಒಂದರ ದರವನ್ನು ಬದಲಿಸದೆ ಉಳಿದದ್ದು ಇದಕ್ಕೆ ಕಾರಣ, ತಪ್ಪು ನಮ್ಮದು. ಹೆಚ್ಚಾದ 1,400 ರೂಪಾಯಿಗೆ ಕ್ರೆಡಿಟ್ ನೋಟ್ ಲಗತ್ತಿಸಿದ್ದೇವೆ ಮತ್ತು ಅದನ್ನು ತಮ್ಮ ಬಾಕಿಯಲ್ಲಿ ಕಳೆದಿದ್ದೇವೆ. ಇಂದಿಗೆ ತಮ್ಮ ಬಾಕಿ 34,720 ರೂಪಾಯಿ. ಪೈಪುಗಳ ಶೇ 18 ತೆರಿಗೆಯಲ್ಲಿ ಬದಲಾವಣೆ ಇಲ್ಲ."

ಎರಡು ಪ್ರತಿ ಮಾಡಿ, ಒಂದರ ಮೇಲೆ ಅವರ ಸಹಿ ಪಡೆಯಿರಿ. ಆ ಕೆಂಪು ಸುತ್ತಿನ ಬಿಲ್ಲನ್ನು ವಾಪಸ್ ಕೇಳಬೇಡಿ. ಅದು ಅವರ ಬಳಿಯೇ ಇರಬೇಕು, ಕ್ರೆಡಿಟ್ ನೋಟ್ ಅದಕ್ಕೆ ಪಿನ್ ಆಗಿರಬೇಕು. ಆಮೇಲೆ ಆ "ಸ್ಪಿಂಕ್ಲರ್" ಐಟಂನ ಹೆಸರಿನಲ್ಲಿ ಸೆಪ್ಟೆಂಬರ್ 22ರಿಂದ ಈಚೆಗೆ ಎಷ್ಟು ಬಿಲ್ ಆಗಿವೆ ಎಂದು ತೆಗೆಯಿರಿ. ಕೇಳಿಕೊಂಡು ಬಂದವರು ಒಬ್ಬರು. ಬಾರದವರಿಗೂ ಇದೇ ಲೆಕ್ಕ.

ಕಾಫಿ ಬೆಳೆಗಾರರು, ಬೇಲೂರು

ಪೈಪಿನ ಮಾತನ್ನು ಇಷ್ಟು ಸುಲಭವಾಗಿ ಮುಗಿಸಬೇಡಿ. ನನಗೆ ಹಾಸನದ ಅಂಗಡಿಯವರು ಕಪ್ಲರ್ ಸಹಿತ ಪೈಪು, ಜೆಟ್ ಎಲ್ಲವನ್ನೂ ಸ್ಪ್ರಿಂಕ್ಲರ್ ಸೆಟ್ ಎಂದು ಸೇರಿಸಿ ಶೇ 5ಕ್ಕೆ ಬಿಲ್ ಮಾಡಿದ್ದಾರೆ. ಅದೇ ಪೈಪು, ಅದೇ ತೋಟ. ಮೂಡಿಗೆರೆಯಲ್ಲಿ ಶೇ 18 ಹೇಗೆ?

ತೆರಿಗೆ ಸಲಹೆಗಾರ್ತಿ, ಹಾಸನ

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಸ್ಪ್ರಿಂಕ್ಲರ್ ವ್ಯವಸ್ಥೆಯಾಗಿ ಒಟ್ಟಿಗೆ ಮಾರಿದ್ದಕ್ಕೂ ಬಿಡಿ ಪೈಪಾಗಿ ಮಾರಿದ್ದಕ್ಕೂ ವ್ಯತ್ಯಾಸವಿದೆ, ಎಲ್ಲಿ ಗೆರೆ ಎಳೆಯಬೇಕೆಂಬುದರಲ್ಲಿ ವೃತ್ತಿಯವರಲ್ಲೇ ಭಿನ್ನಾಭಿಪ್ರಾಯವಿದೆ. ಮೂಡಿಗೆರೆಯ ಅಂಗಡಿಯವರು ಮೊದಲು ತಮ್ಮ ಖರೀದಿ ಬಿಲ್ಲನ್ನು ನೋಡಲಿ: ಮಾಲಿನ ವರ್ಗ ಹೇಳುವ ಎಚ್‌ಎಸ್‌ಎನ್ ಸಂಖ್ಯೆಯನ್ನು ತಯಾರಕರು ಪೈಪಿಗೆ ಸ್ಪ್ರಿಂಕ್ಲರ್ ಸಲಕರಣೆಯ 8424 ಎಂದು ಬರೆದಿದ್ದರೆ ಮಾತು ಬೇರೆ, 3917 ಎಂದಿದ್ದರೆ ಅದು ಪ್ಲಾಸ್ಟಿಕ್ ಪೈಪು.

ಪ್ರಶ್ನೆ ಕೇಳಿದವರು

ಖರೀದಿ ಬಿಲ್ಲಿನಲ್ಲಿ 3917 ಇದೆ, ಶೇ 18 ಹಾಕಿದ್ದಾರೆ. ಇವತ್ತು ಗ್ರಾಹಕರು ಬಂದಿದ್ದರು. ಪತ್ರ ಓದಿ 1,400 ರೂಪಾಯಿಗೆ ಸಹಿ ಹಾಕಿದರು; ಪೈಪಿನ ಸಾಲಿಗೆ "ಒಪ್ಪಿಲ್ಲ" ಎಂದು ಪಕ್ಕದಲ್ಲಿ ಬರೆದು ಹೋದರು. ಆ ಐಟಂನ ಹೆಸರಿನಲ್ಲಿ ಇನ್ನೂ ಹನ್ನೊಂದು ಬಿಲ್‌ಗಳು ಸಿಕ್ಕಿವೆ ಮೇಡಂ.

ತೆರಿಗೆ ಸಲಹೆಗಾರ್ತಿ, ಹಾಸನ

ಅವರು ಬರೆದದ್ದನ್ನು ಅಳಿಸದೆ ಆ ಪ್ರತಿಯನ್ನೇ ಫೈಲಿಗೆ ಹಾಕಿ. ಹನ್ನೊಂದರಲ್ಲಿ ಯಾರಾದರೂ ಸೆಪ್ಟೆಂಬರ್ 22ಕ್ಕೆ ಮೊದಲೇ ಮುಂಗಡ ಕೊಟ್ಟಿದ್ದರೆ ಅಥವಾ ಮಾಲು ಒಯ್ದಿದ್ದರೆ ಅಂಥ ಬಿಲ್‌ಗಳನ್ನು ಬೇರೆ ಇಟ್ಟು ನನಗೆ ದಿನಾಂಕಗಳನ್ನು ಕಳುಹಿಸಿ, ಅವುಗಳ ದರವನ್ನು ದಿನಾಂಕ ನೋಡದೆ ಹೇಳಲಾಗದು. ಉಳಿದವರಿಗೆ ಇದೇ ಪತ್ರವನ್ನು ಅವರವರ ಮೊತ್ತ ಹಾಕಿ ಕಳುಹಿಸಿ. ಹಣ ಪೂರ್ತಿ ಕೊಟ್ಟು ಹೋದವರಿಗೆ ಮುರಿಯಲು ಬಾಕಿ ಇರುವುದಿಲ್ಲ. ಬ್ಯಾಂಕ್ ಖಾತೆಗೆ ಹಾಕಿ, ವರ್ಗಾವಣೆಯ ನಂಬರನ್ನು ಕ್ರೆಡಿಟ್ ನೋಟಿನ ಮೇಲೆ ಬರೆದಿಡಿ.