ತಾನಾಗಿ ನವೀಕರಣಗೊಳ್ಳುವ ಸಾಫ್ಟ್‌ವೇರ್ ಕರಾರು: 90 ದಿನಗಳ ನೋಟಿಸಿನ ಗಡುವು ಮುಗಿದಿದೆ ಎನ್ನುತ್ತಿದ್ದಾರೆ, ಹೊರಬರಲು ದಾರಿಯಿದೆಯೇ?

ಉಗ್ರಾಣಿ (8 ಡಿಸೆಂಬರ್)

ನಮ್ಮದು ಸಣ್ಣ ಸಂಸ್ಥೆ. ದಾಸ್ತಾನು ಮತ್ತು ಬಿಲ್ಲಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರೊಂದನ್ನು 40 ಬಳಕೆದಾರರಿಗಾಗಿ ಒಂದು ವರ್ಷದ ಚಂದಾ ಕರಾರಿನ ಮೇಲೆ ತೆಗೆದುಕೊಂಡಿದ್ದೇವೆ. ಅವಧಿ ಮುಗಿಯುವುದಕ್ಕೆ ಕನಿಷ್ಠ 90 ದಿನ ಮೊದಲು ಲಿಖಿತ ನೋಟಿಸ್ ಕೊಡದಿದ್ದರೆ ಕರಾರು ಇನ್ನೊಂದು ವರ್ಷಕ್ಕೆ ತಾನಾಗಿ ನವೀಕರಣಗೊಳ್ಳುತ್ತದೆ ಎಂಬ ಷರತ್ತು ಅದರಲ್ಲಿದೆ. ಷರತ್ತು ನನಗೆ ಗೊತ್ತಿತ್ತು, ಆದ್ದರಿಂದಲೇ ನವೆಂಬರ್ 10ರಂದು ಅವರ ಅಕೌಂಟ್ ಮ್ಯಾನೇಜರಿಗೆ ಮೇಲ್ ಬರೆದೆ. ನವೆಂಬರ್ 12ರಂದು ಅವರಿಂದ ಉತ್ತರ ಬಂತು: ವಿಷಯ ಗಮನಕ್ಕೆ ಬಂದಿದೆ, ತೀರ್ಮಾನಿಸುವ ಮೊದಲು ಒಮ್ಮೆ ಕೂತು ಮಾತನಾಡೋಣ ಎಂದು. ಆ ಮಾತುಕತೆಯನ್ನು ಅವರೇ ಎರಡು ಸಲ ಮುಂದೂಡಿದರು. ಕೊನೆಗೆ ಡಿಸೆಂಬರ್ 5ರಂದು, ನನ್ನ ಮೇಲ್ ಕರಾರಿನ ಪ್ರಕಾರ ನೋಟಿಸ್ ಅಲ್ಲವೆಂದೂ, ಗಡುವು ನವೆಂಬರ್ 30ಕ್ಕೆ ಮುಗಿದಿರುವುದರಿಂದ ಮುಂದಿನ ವರ್ಷದ ಹಣ ಕಟ್ಟಲೇಬೇಕೆಂದೂ ತಿಳಿಸಿದ್ದಾರೆ. ಇನ್ನೇನಾದರೂ ಮಾಡಲು ಸಾಧ್ಯವೇ?

ಮಳೆಬಿಲ್ಲು

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿರ್ವಾಹಕರ ಖಾತೆಯಿಂದ ಲಾಗಿನ್ ಆಗಿ ಬಿಲ್ಲಿಂಗ್ ಪುಟ ತೆರೆದರೆ ತಾನಾಗಿ ನವೀಕರಿಸುವುದನ್ನು ನಿಲ್ಲಿಸಿಬಿಡುವ ಗುಂಡಿ ಇರುತ್ತದೆ. ನಾನು ಫೋಟೋ ಸಂಗ್ರಹದ ಚಂದಾವನ್ನು ಹಾಗೆಯೇ ನಿಲ್ಲಿಸಿದೆ.

ಉಗ್ರಾಣಿ

ಆ ಪುಟವನ್ನು ನೋಡಿದ್ದೇನೆ. ತಿಂಗಳ ಚಂದಾದವರಿಗೆ ಮಾತ್ರ ಆ ಗುಂಡಿ ಕಾಣಿಸುತ್ತದೆಯಂತೆ. ಸಹಿ ಹಾಕಿದ ಕರಾರಿನವರಿಗೆ ಅಲ್ಲಿ ಇನ್‌ವಾಯ್ಸುಗಳ ಪಟ್ಟಿ ಬಿಟ್ಟು ಬೇರೇನೂ ಇಲ್ಲ.

ಗಟ್ಟಿಗ

ಬ್ಯಾಂಕಿಗೆ ಹೇಳಿ ಅವರಿಗೆ ಹಣ ಹೋಗದಂತೆ ತಡೆಹಿಡಿಯಿರಿ. ಹಣ ಬಾರದಿದ್ದರೆ ಅವರೇ ಸೇವೆ ನಿಲ್ಲಿಸುತ್ತಾರೆ, ಸೇವೆ ನಿಂತ ಮೇಲೆ ಕರಾರು ಎಲ್ಲಿ ಉಳಿಯಿತು? ಅಲ್ಲದೆ, ಮೊದಲೇ ನೆನಪಿಸದೆ ನವೀಕರಿಸಿ ಹಣ ಕೀಳುವುದನ್ನು ತಡೆಯುವ ಗ್ರಾಹಕ ರಕ್ಷಣೆಯ ಕಾನೂನುಗಳು ಎಷ್ಟೋ ಕಡೆ ಇವೆ.

ಶಾನುಭೋಗ

ಗಟ್ಟಿಗ ಅವರ ಮಾತಿನಲ್ಲಿ ಅರ್ಧ ನಿಜವಿದೆ, ಆದರೆ ಉಳಿದರ್ಧ ನಿಮ್ಮನ್ನು ಹಳ್ಳಕ್ಕೆ ಕೆಡಹಬಹುದು. ಅಂಥ ಕಾನೂನುಗಳು ಇರುವುದು ನಿಜ, ಆದರೆ ಅವುಗಳಲ್ಲಿ ಹೆಚ್ಚಿನವು ಸ್ವಂತ ಬಳಕೆಗೆ ಕೊಳ್ಳುವ ವ್ಯಕ್ತಿಗಳಿಗೆ ಸಂಬಂಧಿಸಿದವು. ವ್ಯಾಪಾರ ಸಂಸ್ಥೆಗಳೆರಡು ಮಾಡಿಕೊಂಡ ಕರಾರಿನಲ್ಲಿ ಬರೆದ ಷರತ್ತೇ ಸಾಮಾನ್ಯವಾಗಿ ನಡೆಯುತ್ತದೆ. ಹಣ ತಡೆಹಿಡಿದ ಮಾತ್ರಕ್ಕೆ ಕರಾರು ಮುಗಿಯುವುದಿಲ್ಲ. ಲಾಗಿನ್ ಮುಚ್ಚುತ್ತಾರೆ, ಬಾಕಿ ಹಾಗೆಯೇ ನಿಲ್ಲುತ್ತದೆ, ತಡವಾದುದಕ್ಕೆ ಬಡ್ಡಿ ಸೇರುತ್ತದೆ, ಅಷ್ಟರಲ್ಲಿ ನಿಮ್ಮ ದಾಸ್ತಾನಿನ ದತ್ತಾಂಶವೆಲ್ಲ ಅವರ ಬಳಿಯೇ ಸಿಕ್ಕಿಕೊಂಡಿರುತ್ತದೆ.

ಉಗ್ರಾಣಿಯವರೇ, ಮೊದಲು ಮೂರು ಸಂಗತಿಗಳನ್ನು ಇದ್ದದ್ದು ಇದ್ದಂತೆಯೇ ನಕಲು ಮಾಡಿ ಇಲ್ಲಿ ಹಾಕಿ, ನೆನಪಿನಿಂದ ಬರೆಯಬೇಡಿ. ನೋಟಿಸನ್ನು ಯಾರಿಗೆ, ಯಾವ ಬಗೆಯಲ್ಲಿ ಕಳಿಸಬೇಕೆಂದು ಹೇಳುವ ಷರತ್ತು ಒಂದು. ನವೆಂಬರ್ 10ರಂದು ನೀವು ಕಳಿಸಿದ ಮೇಲ್‌ನಲ್ಲಿರುವ ಪದಗಳು ಇನ್ನೊಂದು. ಅವಧಿ ಯಾವತ್ತಿನಿಂದ ಆರಂಭ ಎಂದು ಹೇಳುವ ಸಾಲು ಮೂರನೆಯದು. ಮೂರನೆಯದನ್ನು ಎಲ್ಲರೂ ಗೊತ್ತಿದೆ ಎಂದುಕೊಂಡು ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಗಂಟು ಬಿಚ್ಚಿಕೊಳ್ಳುವುದು ಬಹುಪಾಲು ಅಲ್ಲಿಯೇ.

ಉಗ್ರಾಣಿ

ಮುಖ್ಯ ಕರಾರಿನ 14ನೇ ಷರತ್ತು: “ಈ ಕರಾರಿನಡಿಯ ಎಲ್ಲ ನೋಟಿಸುಗಳು ಲಿಖಿತವಾಗಿರತಕ್ಕದ್ದು, ಕೊರಿಯರ್ ಮೂಲಕ ಕಾನೂನು ವಿಭಾಗದ ವಿಳಾಸಕ್ಕೆ ಕಳಿಸಿ, ಅದರ ಪ್ರತಿಯನ್ನು ನಮೂದಿಸಿದ ಮೇಲ್ ವಿಳಾಸಕ್ಕೆ ಕಳಿಸತಕ್ಕದ್ದು, ಕೊರಿಯರ್ ಕಳಿಸಿದ ಮೂರನೇ ಕೆಲಸದ ದಿನ ನೋಟಿಸ್ ತಲುಪಿದಂತೆ ಭಾವಿಸತಕ್ಕದ್ದು.”

ನನ್ನ ಮೇಲ್: “ಮುಂದಿನ ವರ್ಷಕ್ಕೆ ಈ ಸಾಫ್ಟ್‌ವೇರನ್ನು ಮುಂದುವರಿಸುವ ಯೋಚನೆ ನಮಗಿಲ್ಲ. ಮುಂದೇನು ಮಾಡಬೇಕೆಂದು ದಯವಿಟ್ಟು ತಿಳಿಸಿ.”

ಅವಧಿಯ ವಿಚಾರದಲ್ಲಿ ನನಗೇ ಗೊಂದಲವಿದೆ. ಆರ್ಡರ್ ಫಾರ್ಮಿಗೆ ಸಹಿ ಹಾಕಿದ್ದು ಈ ವರ್ಷದ ಫೆಬ್ರವರಿ 12ರಂದು. ಇನ್‌ವಾಯ್ಸಿನಲ್ಲಿ ಮಾರ್ಚ್ 1ರಿಂದ ಎಂದಿದೆ. ಆರ್ಡರ್ ಫಾರ್ಮಿನ ಎರಡನೇ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, “ಚಂದಾ ಅವಧಿಯು ನಿರ್ವಾಹಕರಿಗೆ ಲಾಗಿನ್ ವಿವರ ಕಳಿಸಿದ ದಿನದಿಂದ ಆರಂಭವಾಗಿ 12 ತಿಂಗಳು ಜಾರಿಯಲ್ಲಿರುತ್ತದೆ” ಎಂದಿದೆ.

ಶಾನುಭೋಗ

ಲಾಗಿನ್ ವಿವರದ ಮೇಲ್ ಯಾವತ್ತು ಬಂತು?

ಉಗ್ರಾಣಿ

ಈಗಷ್ಟೇ ಹುಡುಕಿ ನೋಡಿದೆ. ಮಾರ್ಚ್ 17. ಹಳೆಯ ದತ್ತಾಂಶವನ್ನು ತುಂಬಿಕೊಡುವುದು ಅವರ ಕಡೆಯಿಂದಲೇ ತಡವಾಗಿತ್ತು.

ಶಾನುಭೋಗ

ಹಾಗಾದರೆ ಆ ಮೇಲನ್ನು, ಯಾರಿಂದ ಯಾವಾಗ ಬಂತೆಂದು ತೋರಿಸುವ ತಲೆಬರಹದ ವಿವರಗಳ ಸಮೇತ ಉಳಿಸಿಕೊಳ್ಳಿ. ನಿಮ್ಮ ಬಳಿ ಇರುವ ಕಾಗದಗಳಲ್ಲಿ ಅದರಷ್ಟು ಬೆಲೆಯುಳ್ಳದ್ದು ಇನ್ನೊಂದಿಲ್ಲ.

ಲೆಕ್ಕ ಹೀಗಿದೆ. ಮಾರ್ಚ್ 1ರಿಂದ ಎಣಿಸಿದರೆ ಅವಧಿ ಫೆಬ್ರವರಿ 28ಕ್ಕೆ ಮುಗಿಯುತ್ತದೆ, ಅಲ್ಲಿಂದ 90 ದಿನ ಹಿಂದಕ್ಕೆ ಹೋದರೆ ನವೆಂಬರ್ 30. ಅವರು ಹೇಳುತ್ತಿರುವುದು ಇದನ್ನೇ. ಮಾರ್ಚ್ 17ರಿಂದ ಎಣಿಸಿದರೆ ಅವಧಿ ಮುಂದಿನ ಮಾರ್ಚ್ 16ಕ್ಕೆ ಮುಗಿಯುತ್ತದೆ. ಮಾರ್ಚಿನ 16, ಫೆಬ್ರವರಿಯ 28, ಜನವರಿಯ 31 ಸೇರಿ 75 ದಿನ, ಉಳಿದ 15ನ್ನು ಡಿಸೆಂಬರ್ ಕೊನೆಯಿಂದ ಕಳೆದರೆ ಡಿಸೆಂಬರ್ 16 ಸಿಗುತ್ತದೆ. ಅಂದರೆ ಅವರೇ ಬರೆದ ಆರ್ಡರ್ ಫಾರ್ಮಿನ ಪ್ರಕಾರ ನಿಮಗೆ ಇನ್ನೂ ಎಂಟು ದಿನ ಇದೆ. ಇನ್‌ವಾಯ್ಸ್ ಎಂಬುದು ಹಣ ಕೇಳುವ ಕಾಗದ. ಎರಡೂ ಕಡೆಯವರು ಸಹಿ ಹಾಕಿದ ಪತ್ರದಲ್ಲಿರುವ ದಿನಾಂಕವನ್ನು ಅದೊಂದೇ ಬದಲಿಸಲಾರದು. ಒಂದು ಎಚ್ಚರಿಕೆ: ಮುಖ್ಯ ಕರಾರಿಗೂ ಆರ್ಡರ್ ಫಾರ್ಮಿಗೂ ತಾಳೆಯಾಗದಿದ್ದಾಗ ಯಾವುದು ಮೇಲು ಎಂದು ಹೇಳುವ ಸಾಲು ಎಲ್ಲಾದರೂ ಇರುತ್ತದೆ, ಅದನ್ನು ಹುಡುಕಿ. ಮುಖ್ಯ ಕರಾರು ಅವಧಿಯ ಆರಂಭವನ್ನು ಬೇರೆ ರೀತಿ ಹೇಳಿದ್ದು, ಅದೇ ಮೇಲು ಎಂದೂ ಬರೆದಿದ್ದರೆ ನನ್ನ ಲೆಕ್ಕ ಬಿದ್ದುಹೋಗುತ್ತದೆ.

ಇನ್ನು ನವೆಂಬರ್ 10ರ ಮೇಲ್. ಅದರಲ್ಲಿ ಎರಡು ಕೊರತೆಗಳಿವೆ. ತಲುಪಬೇಕಾದ ವಿಳಾಸಕ್ಕೆ ಹೋಗಿಲ್ಲ ಎಂಬುದು ಎದ್ದು ಕಾಣುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು “ಯೋಚನೆ ನಮಗಿಲ್ಲ” ಎಂಬ ಮಾತು. ಇಂಥ ಕರಾರನ್ನು ನವೀಕರಿಸುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳುವುದು ಬೇರೆ, ಯೋಚನೆಯಿಲ್ಲ ಎನ್ನುವುದು ಬೇರೆ. ಎರಡನೆಯದನ್ನು ಚೌಕಾಸಿಯ ಪೀಠಿಕೆ ಎಂದು ಅವರು ವಾದಿಸಬಹುದು, ವಾದಿಸಿಯೇ ತೀರುತ್ತಾರೆ. ಆದರೂ ಅದು ವ್ಯರ್ಥವಲ್ಲ. ವಿಷಯ ನಿಜವಾಗಿ ಅವರಿಗೆ ತಲುಪಿತ್ತು ಎನ್ನಲು ನವೆಂಬರ್ 12ರ ಉತ್ತರವೇ ಸಾಕ್ಷಿ, ಮಾತುಕತೆಯನ್ನು ಗಡುವಿನಾಚೆಗೆ ತಳ್ಳಿದವರೂ ಅವರೇ. ಈ ವಾದ ಎಷ್ಟು ನಿಲ್ಲುತ್ತದೆ ಎಂಬುದು ಕರಾರಿಗೆ ಅನ್ವಯಿಸುವ ಕಾನೂನಿನ ಮೇಲೆ ಹೋಗುತ್ತದೆ. ಅದನ್ನು ವಕೀಲರೇ ಹೇಳಬೇಕು.

ಆದ್ದರಿಂದ ನಾಳೆಯೇ ಹೊಸ ನೋಟಿಸನ್ನು ಕೊರಿಯರಿನಲ್ಲಿ ಕಳಿಸಿ, ಅದೇ ದಿನ ಪ್ರತಿಯನ್ನು ಮೇಲಿಗೂ ಹಾಕಿ. ಮೂರು ಕೆಲಸದ ದಿನ ಸೇರಿ, ನಡುವೆ ವಾರದ ರಜೆ ಬಂದರೂ 16ರೊಳಗೆ ತಲುಪಿದಂತಾಗುತ್ತದೆ. ಒಕ್ಕಣೆ ಚಿಕ್ಕದಾಗಿರಲಿ:

“ದಿನಾಂಕ ... ರಂದು ಸಹಿಯಾದ ಆರ್ಡರ್ ಫಾರ್ಮಿನಡಿಯ ಚಂದಾವನ್ನು ಅದರ ಈಗಿನ ಅವಧಿ ಮುಗಿದ ಮೇಲೆ ನಾವು ನವೀಕರಿಸುವುದಿಲ್ಲ. ಇದು 14ನೇ ಷರತ್ತಿನಡಿಯ ನೋಟಿಸ್. ನವೆಂಬರ್ 10ರಂದು ನಾವು ಕಳಿಸಿದ ಮೇಲ್ ಕೂಡ ನೋಟಿಸೇ ಎಂಬ ನಮ್ಮ ನಿಲುವನ್ನು ಬಿಟ್ಟುಕೊಡದೆ ಇದನ್ನು ಹೆಚ್ಚುವರಿಯಾಗಿ ಕಳಿಸುತ್ತಿದ್ದೇವೆ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ, ಮೊದಲನೆಯದು ನೋಟಿಸ್ ಅಲ್ಲವೆಂದು ನೀವೇ ಒಪ್ಪಿಕೊಂಡಿರಿ ಎನ್ನುತ್ತಾರೆ. ಸಾಫ್ಟ್‌ವೇರ್ ಚೆನ್ನಾಗಿಲ್ಲ, ಬೆಂಬಲ ಸರಿಯಿಲ್ಲ ಎಂಬ ದೂರುಗಳನ್ನು ಈ ಪತ್ರಕ್ಕೆ ಸೇರಿಸಬೇಡಿ. ನವೀಕರಿಸದಿರಲು ಕಾರಣ ಹೇಳಬೇಕಾಗಿಲ್ಲ. ಹೇಳಿದರೆ ಅದನ್ನು ಸರಿಪಡಿಸುತ್ತೇವೆ ಎಂದು ಮಾತು ಬೆಳೆಸುತ್ತಾರೆ.

ಕೀಲಿಕೈ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಮುಖ್ಯ ಕರಾರಿಗೆ ಸರಿಯಾಗಿಯೇ ನೋಟಿಸ್ ಕೊಟ್ಟಿದ್ದೆವು. ಆದರೆ ವರ್ಷದ ನಡುವೆ ಆರು ಲೈಸೆನ್ಸುಗಳನ್ನು ಹೆಚ್ಚುವರಿಯಾಗಿ ಕೊಂಡಾಗ ಇನ್ನೊಂದು ಆರ್ಡರ್ ಫಾರ್ಮಿಗೆ ಸಹಿ ಮಾಡಿದ್ದು ಯಾರಿಗೂ ನೆನಪಿರಲಿಲ್ಲ. ಆ ಆರಕ್ಕೆ ಬೇರೆಯದೇ 12 ತಿಂಗಳ ಅವಧಿ ಇತ್ತು, ಅದು ತಾನಾಗಿ ನವೀಕರಣವಾಯಿತು, ಯಾರೂ ಬಳಸದ ಆರು ಲೈಸೆನ್ಸುಗಳಿಗೆ ಒಂದು ವರ್ಷ ಹಣ ಕಟ್ಟಿದೆವು. ನಮ್ಮ ಲೆಕ್ಕಿಗರು ಇಂದಿಗೂ ಅದನ್ನು ನೆನೆಸಿಕೊಂಡು ನನ್ನನ್ನು ನೋಡುತ್ತಾರೆ.

ಉಗ್ರಾಣಿ

ಎದೆ ಧಸಕ್ ಎಂದಿತು. ಜುಲೈನಲ್ಲಿ ನಾವೂ ಐದು ಬಳಕೆದಾರರನ್ನು ಸೇರಿಸಿದ್ದೆವು. ತೆಗೆದು ನೋಡಿದೆ: “ಮೂಲ ಚಂದಾ ಅವಧಿಯೊಂದಿಗೇ ಮುಕ್ತಾಯವಾಗುತ್ತದೆ” ಎಂದಿದೆ. ಬಚಾವಾದೆವು ಎಂದುಕೊಳ್ಳಲೇ?

ಶಾನುಭೋಗ

ಆ ಸಾಲಿನ ಪ್ರಕಾರ ಹೌದು. ಆದರೂ ನೋಟಿಸಿನಲ್ಲಿ ಆ ಆರ್ಡರ್ ಫಾರ್ಮಿನ ಸಂಖ್ಯೆಯನ್ನೂ ಬರೆಯಿರಿ, “ಇವುಗಳಿಗೆ ಹೊಂದಿಕೊಂಡ ಎಲ್ಲ ಹೆಚ್ಚುವರಿ ಆರ್ಡರುಗಳು” ಎಂದೂ ಸೇರಿಸಿ.

ಉಗ್ರಾಣಿ (15 ಡಿಸೆಂಬರ್)

ನಡೆದದ್ದನ್ನು ಹೇಳುತ್ತೇನೆ. ಕೊರಿಯರ್ 9ರಂದು ಹೋಯಿತು, 11ರಂದು ಅವರ ಕಚೇರಿಯಲ್ಲಿ ಸಹಿ ಮಾಡಿ ತೆಗೆದುಕೊಂಡ ರಸೀದಿ ಇದೆ. ಎರಡು ಪತ್ರಗಳಿಗೆ ತಾಳೆಯಾಗದಿದ್ದಾಗ ಆರ್ಡರ್ ಫಾರ್ಮೇ ಮೇಲು ಎಂಬ ಸಾಲು ಮುಖ್ಯ ಕರಾರಿನ 2ನೇ ಷರತ್ತಿನಲ್ಲಿ ಸಿಕ್ಕಿತು. ಇಂದು ಅವರ ಉತ್ತರ ಬಂದಿದೆ. ಅವಧಿ ಮಾರ್ಚ್ 1ರಿಂದಲೇ ಎಂಬುದು ತಮ್ಮ ಅಭಿಪ್ರಾಯ, ಆದರೆ ಸೌಹಾರ್ದದಿಂದ ಬಗೆಹರಿಸಲು 20 ಬಳಕೆದಾರರಿಗೆ ಇಳಿಸಿ, ಕಡಿಮೆ ದರದಲ್ಲಿ ಒಂದು ವರ್ಷ ಕೊಡುತ್ತೇವೆ ಎನ್ನುತ್ತಾರೆ. ಜೊತೆಗೆ ಸಹಿಗಾಗಿ ಒಂದು ಪುಟ ಕಳಿಸಿದ್ದಾರೆ. ನಮ್ಮ ನಿರ್ದೇಶಕರಿಗೆ ಜಗಳ ಬೇಡವಾಗಿದೆ, ಸಹಿ ಹಾಕಿಬಿಡೋಣ ಎನ್ನುತ್ತಿದ್ದಾರೆ.

ಗಟ್ಟಿಗ

ಅರ್ಧಕ್ಕೆ ಇಳಿದಿದ್ದಾರೆ ಎಂದರೆ ಅವರಿಗೇ ತಮ್ಮ ವಾದದ ಮೇಲೆ ನಂಬಿಕೆಯಿಲ್ಲ ಎಂದರ್ಥ.

ಶಾನುಭೋಗ

ಇರಬಹುದು, ಇಲ್ಲದಿರಲೂಬಹುದು, ಗಿರಾಕಿ ಪೂರ್ತಿ ಕೈತಪ್ಪುವುದಕ್ಕಿಂತ ಅರ್ಧ ಉಳಿಯಲಿ ಎಂದು ಎಷ್ಟೋ ಸಲ ಹೀಗೆ ಮಾಡುತ್ತಾರೆ. ಕಳಿಸಿರುವ ಪುಟವನ್ನು ಮಾತ್ರ ಹುಷಾರಾಗಿ ಓದಿ. ಅದು ತಿದ್ದುಪಡಿ ಪತ್ರವೋ ಹೊಸ ಆರ್ಡರ್ ಫಾರ್ಮೋ? ಹೊಸ ಆರ್ಡರ್ ಫಾರ್ಮ್ ಆಗಿದ್ದರೆ ನಿಮ್ಮ ನೋಟಿಸಿನ ಕಥೆ ಅಲ್ಲಿಗೆ ಮುಗಿಯಿತು, ಹೊಸ ಅವಧಿ, ಹೊಸ 90 ದಿನ, ಮತ್ತೆ ತಾನಾಗಿ ನವೀಕರಣ. ಸಹಿ ಹಾಕುವುದೇ ಆದರೆ ಈ ಅವಧಿ ಮುಗಿದ ಮೇಲೆ ಹೊಸ ಸಹಿಯಿಲ್ಲದೆ ಕರಾರು ಮುಂದುವರಿಯುವುದಿಲ್ಲ ಎಂಬ ಒಂದು ವಾಕ್ಯವನ್ನು ಸೇರಿಸಲು ಕೇಳಿ.

ಒಪ್ಪದಿದ್ದರೆ, ಮಾರ್ಚಿಗೆ ಮೊದಲೇ ದತ್ತಾಂಶವನ್ನೆಲ್ಲ ಇಳಿಸಿಕೊಂಡು, ಇಳಿಸಿಕೊಂಡದ್ದು ಬೇರೆ ಕಡೆ ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ. ಮಾರ್ಚ್ 16 ಕಳೆದ ಮೇಲೆ ಒಬ್ಬರೂ ಲಾಗಿನ್ ಆಗಬಾರದು, ಹೊಸ ಇನ್‌ವಾಯ್ಸ್ ಬಂದರೆ ಲಿಖಿತವಾಗಿ ತಕರಾರು ಹಾಕದೆ ಸುಮ್ಮನಿರಬಾರದು. ಬಳಸುತ್ತಲೇ ಇದ್ದು ನವೀಕರಣವಾಗಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಉಗ್ರಾಣಿ

ಪುಟದ ಮೇಲ್ಭಾಗದಲ್ಲಿ “ಆರ್ಡರ್ ಫಾರ್ಮ್” ಎಂದೇ ಅಚ್ಚಾಗಿದೆ. ನಿರ್ದೇಶಕರ ಕೈಯಿಂದ ಪೆನ್ನು ಇಸಿದುಕೊಂಡಿದ್ದೇನೆ. ನೀವು ಹೇಳಿದ ವಾಕ್ಯವನ್ನು ಸೇರಿಸಿ ವಾಪಸು ಕಳಿಸುತ್ತಿದ್ದೇನೆ, ಉತ್ತರ ಬಂದ ಮೇಲೆ ಬರೆಯುತ್ತೇನೆ.