ಪದಚರ್ಚೆ: ‘ಡಿರೈವ್ಡ್ ಡಿಮಾಂಡ್’, ‘ಮಾರ್ಜಿನಲ್ ರೆವೆನ್ಯೂ ಪ್ರಾಡಕ್ಟ್’ – ಸಂಜೆಯೊಳಗೆ ಬೇಕು

ಪೂರ್ಣಿಮಾ ಬರೆದದ್ದು:

ಎಲ್ಲರಿಗೂ ನಮಸ್ಕಾರ. ರೇಷ್ಮೆ ನೂಲು ಬಿಚ್ಚಾಣಿಕೆದಾರರ ತರಬೇತಿಗೆ ಒಂದು ಗೋಡೆಪಟ ಅನುವಾದಿಸುತ್ತಿದ್ದೇನೆ. ಸಂಜೆ ಆರಕ್ಕೆ ಪ್ರೆಸ್ಸಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ಡಿರೈವ್ಡ್ ಡಿಮಾಂಡ್’. ಸೀರೆ ಕೊಳ್ಳುವವರಿದ್ದರೆ ನೂಲಿಗೆ ಗಿರಾಕಿ, ನೂಲಿಗೆ ಗಿರಾಕಿ ಇದ್ದರೆ ನೂಲು ಬಿಚ್ಚುವವರಿಗೆ ಕೆಲಸ ಎಂಬ ಅರ್ಥ. ‘ಜನ್ಯ ಬೇಡಿಕೆ’, ‘ನಿಷ್ಪನ್ನ ಬೇಡಿಕೆ’, ‘ಪರೋಕ್ಷ ಬೇಡಿಕೆ’ ಮೂರನ್ನೂ ನೋಡಿದ್ದೇನೆ.

ಎರಡನೆಯದು ‘ಮಾರ್ಜಿನಲ್ ರೆವೆನ್ಯೂ ಪ್ರಾಡಕ್ಟ್’. ಇನ್ನೊಬ್ಬ ಆಳು ಸೇರಿದರೆ ಘಟಕದ ಆದಾಯ ಎಷ್ಟು ಹೆಚ್ಚುತ್ತದೆ ಎಂಬ ಅರ್ಥ. ‘ಸೀಮಾಂತ ಆದಾಯ ಉತ್ಪನ್ನ’ ಎಂದು ಹಾಕಿದೆ. ಓದಿದ ಇಬ್ಬರಲ್ಲಿ ಒಬ್ಬರಿಗೆ ಅದು ಆದಾಯ ಅನ್ನಿಸಿತು, ಇನ್ನೊಬ್ಬರಿಗೆ ಸರಕು ಅನ್ನಿಸಿತು. ಪಟದ ಸಾಲು ಹೀಗಿದೆ: “ಕೂಲಿಯು ಸೀಮಾಂತ ಆದಾಯ ಉತ್ಪನ್ನಕ್ಕೆ ಸಮವಾಗುವವರೆಗೆ ಆಳು ತೆಗೆದುಕೊಳ್ಳಿ.” ಕೆಳಗೆ ಲೆಕ್ಕವಿದೆ. ನಾಲ್ಕನೆಯ ಆಳು ಸೇರಿದಾಗ ದಿನಕ್ಕೆ 1 ಕೆಜಿ ನೂಲು ಹೆಚ್ಚುತ್ತದೆ, ಐದನೆಯವರಿಂದ 0.8, ಆರನೆಯವರಿಂದ 0.6, ಏಳನೆಯವರಿಂದ 0.4. ನೂಲಿನ ದರ ಕೆಜಿಗೆ 5000, ದಿನಗೂಲಿ 600. ಎಲ್ಲವೂ ಉದಾಹರಣೆಗೆ ಹಿಡಿದ ಅಂಕಿ.

ಬಸವರಾಜ ಬರೆದದ್ದು:

‘ಜನ್ಯ ಬೇಡಿಕೆ’ ಅರಿಸಮಾಸ. ಸಂಸ್ಕೃತ ಪದಕ್ಕೆ ಅಚ್ಚಗನ್ನಡ ಪದವನ್ನು ಹೀಗೆ ಅಂಟಿಸಬಾರದೆಂದು ಕೇಶಿರಾಜನೇ ಹೇಳಿದ್ದಾನೆ. ‘ನಿಷ್ಪನ್ನ’ವೂ ಅದೇ ಜಾತಿ. ‘ಬೇಡಿಕೆ’ಯಂಥ ಒಳ್ಳೆಯ ಮಾತು ಕೈಯಲ್ಲಿರುವಾಗ ‘ಹುಟ್ಟು ಬೇಡಿಕೆ’ ಎನ್ನಿ, ಮುಗಿಯಿತು. ಎರಡನೆಯದಕ್ಕೆ ‘ಅಂಚಿನ ಗಳಿಕೆ’. ‘ಸೀಮಾಂತ’ ಎಂದರೆ ನಮ್ಮ ಜನಕ್ಕೆ ಗಡಿಯಲ್ಲಿ ನಿಂತ ಸೈನಿಕ ನೆನಪಾಗುತ್ತಾನೆ.

ವೆಂಕಟೇಶ ಬರೆದದ್ದು:

‘ಹುಟ್ಟು ಬೇಡಿಕೆ’ ಆಗದು. ಹುಟ್ಟುಗುಣ, ಹುಟ್ಟುಕುರುಡು ಎಂದಾಗ ಬರುವ ಅರ್ಥ ‘ಹುಟ್ಟಿನಿಂದಲೇ ಇರುವ’ ಎಂಬುದು. ಇಲ್ಲಿ ಬೇಕಾಗಿರುವುದು ಅದರ ವಿರುದ್ಧ: ಸ್ವಂತ ಹುಟ್ಟಿಲ್ಲದ, ಇನ್ನೊಂದರಿಂದ ಬಂದ ಬೇಡಿಕೆ. ‘ಪರೋಕ್ಷ’ವೂ ಬೇಡ, ಪರೋಕ್ಷ ತೆರಿಗೆಯ ನೆನಪು ತಂದು ದಾರಿ ತಪ್ಪಿಸುತ್ತದೆ. ‘ಉತ್ಪನ್ನ ಬೇಡಿಕೆ’ ಎಂದು ಬರೆಯುವವರೂ ಇದ್ದಾರೆ, ಅದು ಸರಕಿನ ಬೇಡಿಕೆ ಎಂದಾಗಿ ಪೂರ್ತಿ ಅನರ್ಥ. ಪಾಠದ ಪುಸ್ತಕಕ್ಕೆ ‘ಜನ್ಯ ಬೇಡಿಕೆ’ ಇರಲಿ. ಗೋಡೆಪಟಕ್ಕೆ ಪದವೇ ಬೇಡ, ವಾಕ್ಯ ಬರೆಯಿರಿ: “ಆಳಿನ ಬೇಡಿಕೆ ನೂಲಿನ ಬೇಡಿಕೆಯಿಂದ ಬರುತ್ತದೆ.” ಅರ್ಥಶಾಸ್ತ್ರಜ್ಞ ಮಾರ್ಷಲ್ ಕೂಡ ಮನೆ ಕಟ್ಟುವವರಿಂದ ಗಾರೆಕೆಲಸದವರಿಗೆ ಬರುವ ಬೇಡಿಕೆಯನ್ನು ತೋರಿಸಿಯೇ ಈ ಮಾತನ್ನು ವಿವರಿಸಿದ್ದು.

ಪೂರ್ಣಿಮಾ ಅವರೇ, ಪದಕ್ಕಿಂತ ಮೊದಲು ಲೆಕ್ಕ ನೋಡಿ. ಏಳನೆಯ ಆಳು 0.4 ಕೆಜಿ ಹೆಚ್ಚಿಸುತ್ತಾನೆ. ಅದನ್ನು 5000ದಿಂದ ಗುಣಿಸಿದರೆ 2000 ರೂಪಾಯಿ. ಕೂಲಿ 600 ಮಾತ್ರ, ಹಾಗಾಗಿ ಪಟ ಓದಿದವರು ಏಳನೆಯವನನ್ನೂ ತೆಗೆದುಕೊಳ್ಳುತ್ತಾರೆ, ಎಂಟನೆಯವನನ್ನೂ ಕರೆಯುತ್ತಾರೆ. ಆದರೆ ಆ 0.4 ಕೆಜಿ ನೂಲು ಗಾಳಿಯಿಂದ ಬರುವುದಿಲ್ಲ, ರೇಷ್ಮೆ ಗೂಡು ಬೇಕು. ಒಂದು ಕೆಜಿ ನೂಲಿಗೆ 7.5 ಕೆಜಿ ಗೂಡು, ಗೂಡಿಗೆ ಕೆಜಿಗೆ 500 ಎಂದು ಹಿಡಿಯಿರಿ: 3750 ಆಯಿತು. ಸೌದೆ, ನೀರು, ಕರೆಂಟು ಸೇರಿ ಇನ್ನೊಂದು 250. ಉಳಿಯುವುದು ಕೆಜಿಗೆ 1000. ಆಳಿನ ಲೆಕ್ಕಕ್ಕೆ ಹಿಡಿಯಬೇಕಾದ ದರ ಈ 1000, 5000 ಅಲ್ಲ.

ಈಗ ಗುಣಿಸಿ. ನಾಲ್ಕನೆಯವರಿಂದ 1000, ಐದನೆಯವರಿಂದ 800, ಆರನೆಯವರಿಂದ 600, ಏಳನೆಯವರಿಂದ 400. ಕೂಲಿ 600. ಆರಕ್ಕೆ ನಿಲ್ಲಬೇಕು. ಏಳನೆಯವರನ್ನು ಸೇರಿಸಿದ ಘಟಕ ದಿನಕ್ಕೆ 200 ಕಳೆದುಕೊಳ್ಳುತ್ತದೆ. ನೂಲು ಹೆಚ್ಚು ಬಂದಿರುತ್ತದೆ, ವ್ಯಾಪಾರದ ಮೊತ್ತವೂ ದೊಡ್ಡದಾಗಿರುತ್ತದೆ, ಅದಕ್ಕೇ ಈ ನಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ.

ಶ್ರೀಪಾದ ಬರೆದದ್ದು:

ನೀವೆಲ್ಲ ‘ಕೂಲಿ’ಯನ್ನು ಮರೆತಿರಿ. ಅದು ‘ಕೂಳು’ ಎಂಬುದರಿಂದ ಬಂದದ್ದು. ಕೂಳಿಗಾಗಿ ದುಡಿದರೆ ಕೂಲಿ. ಆದ್ದರಿಂದ ‘ಕೂಲಿ ಸಮವಾಗುವುದು’ ಎಂಬ ಮಾತೇ ಅಸಂಗತ, ಹೊಟ್ಟೆಗೆ ಬೇಕಾದಷ್ಟು ಎಂದೇ ಅದರ ಮೂಲಾರ್ಥ. ‘ವೇತನ’ ಹಾಕಿ.

ವೆಂಕಟೇಶ ಬರೆದದ್ದು:

ಒಪ್ಪುವುದಿಲ್ಲ. ‘ಕೂಳು’ ಹಳಗನ್ನಡದಲ್ಲಿ ‘ಕೂೞ್’, ತಮಿಳಿನಲ್ಲೂ ಅಲ್ಲಿ ೞಕಾರವೇ. ‘ಕೂಲಿ’ ಎರಡೂ ಭಾಷೆಗಳಲ್ಲಿ ಬರಿಯ ಲಕಾರ. ಎರಡು ಬೇರೆ ಬೇರೆ ಪದಗಳು. ದಿನದ ಲೆಕ್ಕದಲ್ಲಿ ದುಡ್ಡು ಎಣಿಸುವ ಕಡೆ ‘ಕೂಲಿ’ಯೇ ಸರಿ.

ಗೀತಾ ಬರೆದದ್ದು:

ನನಗೆ ಪದಕ್ಕಿಂತ ವಿಷಯವೇ ಸರಿಹೋಗಲಿಲ್ಲ. ನಾಲ್ಕನೆಯವಳು 1000 ರೂಪಾಯಿಯಷ್ಟು ಗಳಿಸಿಕೊಟ್ಟಳು, ಅವಳಿಗೂ 600ರೇ? ಏಳನೆಯವಳು ಮೈಗಳ್ಳಿ ಎಂದು ಅವಳನ್ನು ಬಿಡುವುದೇ? ಕೆಲಸ ನೋಡಿ ಕೂಲಿ ಎಂಬುದು ಇದೇ ಆದರೆ ಆರು ಜನಕ್ಕೆ ಆರು ಕೂಲಿ ಇರಬೇಕಿತ್ತು.

ವೆಂಕಟೇಶ ಬರೆದದ್ದು:

ಗೀತಾ ಅವರೇ, ನಾಲ್ಕನೆಯವಳು, ಏಳನೆಯವಳು ಎಂಬುದು ವ್ಯಕ್ತಿಯ ಹೆಸರಲ್ಲ. ಏಳೂ ಜನ ಒಂದೇ ಕಸುಬುಗಾರಿಕೆಯವರು. ನೂಲು ಬಿಚ್ಚುವ ಬೇಸಿನ್ನು, ಗೂಡು ಬೇಯಿಸುವ ಪಾತ್ರೆ, ಜಾಗ ಅಷ್ಟೇ ಇದ್ದು ಕೈ ಮಾತ್ರ ಹೆಚ್ಚಿದಾಗ, ಪ್ರತಿ ಹೊಸ ಕೈಯಿಂದ ಒಟ್ಟು ನೂಲಿಗೆ ಆಗುವ ಹೆಚ್ಚಳ ಇಳಿಯುತ್ತದೆ. ಇವತ್ತು ಏಳನೆಯವಳಾಗಿ ಬಂದವಳು ನಾಳೆ ಮೊದಲು ಬಂದರೂ ಲೆಕ್ಕ ಬದಲಾಗದು. ಮಾರ್ಷಲ್ ಕುರುಬನ ಉದಾಹರಣೆ ಕೊಡುವಾಗಲೂ ಆ ಹೆಚ್ಚುವರಿ ಕುರುಬ ಸಾಮಾನ್ಯ ದಕ್ಷತೆಯವನೇ ಎಂದು ಒತ್ತಿ ಹೇಳುತ್ತಾನೆ.

ನಾಲ್ಕನೆಯವಳ 1000ಕ್ಕೂ ಕೂಲಿಗೂ ಇರುವ ಅಂತರ ಬಾಡಿಗೆ, ಯಂತ್ರದ ಸವಕಳಿ, ಸಾಲದ ಬಡ್ಡಿ, ಮಾಲೀಕನ ಪಾಲಿಗೆ ಹೋಗುತ್ತದೆ. ಅದು ನ್ಯಾಯವೇ ಎಂಬ ಪ್ರಶ್ನೆಗೆ ಈ ಸೂತ್ರ ಉತ್ತರಿಸುವುದಿಲ್ಲ. ಎಷ್ಟು ಜನರನ್ನು ತೆಗೆದುಕೊಂಡರೆ ಘಟಕಕ್ಕೆ ಲಾಭ ಹೆಚ್ಚು ಎಂಬುದಕ್ಕಷ್ಟೇ ಉತ್ತರ.

ಈ ಗೊಂದಲಕ್ಕೆ ಪದವೂ ಕಾರಣ. ‘ಸೀಮಾಂತ ಕಾರ್ಮಿಕ’ ಎಂದು ಮಾತ್ರ ಬರೆಯಬೇಡಿ. ಜನಗಣತಿಯಲ್ಲಿ ‘ಮಾರ್ಜಿನಲ್ ವರ್ಕರ್’ ಎಂದರೆ ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ಕೆಲಸ ಸಿಕ್ಕವರು. ‘ಮಾರ್ಜಿನಲ್ ಫಾರ್ಮರ್’ ಕನ್ನಡದಲ್ಲಿ ‘ಅತಿ ಸಣ್ಣ ರೈತ’. ‘ಅಂಚಿನ ಜನ’ ಎಂದರೆ ಸಮಾಜ ಬದಿಗೆ ತಳ್ಳಿದವರು. ಬಸವರಾಜರ ‘ಅಂಚಿನ ಗಳಿಕೆ’ ಅಲ್ಲಿಯೇ ಎಡವುತ್ತದೆ.

ನಯಾಜ್ ಬರೆದದ್ದು:

ಸಾರ್, ಹಲವು ಎಳೆ ಒಟ್ಟಿಗೆ ಬಿಚ್ಚೋ ಮಲ್ಟಿಎಂಡ್ ಘಟಕದಲ್ಲಿ ಬೇಸಿನ್ನಿಗೆ ಒಬ್ಬರು. ಆರು ಬೇಸಿನ್ ಇದ್ದರೆ ಏಳನೆಯವರು ಸುಮ್ಮನೆ ನಿಲ್ಲುತ್ತಾರೆ, 0.4 ಕೂಡ ಬರಲ್ಲ. ಆರರವರೆಗೆ ಹೆಚ್ಚುಕಮ್ಮಿ ಒಂದೇ ಸಮ ಬರುತ್ತೆ, ಆಮೇಲೆ ಸೊನ್ನೆ. ನಿಮ್ಮ 1, 0.8, 0.6 ಎಲ್ಲಿಂದ ಬಂತು?

ಇನ್ನೊಂದು. ನೂಲಿನ ರೇಟು ಬಿದ್ದ ವಾರ ಏನಾಗುತ್ತೆ ಅಂತ ಪಟದಲ್ಲಿ ಇಲ್ಲ. ನಮಗೆ ಬೇಕಿರೋದು ಅದೇ.

ವೆಂಕಟೇಶ ಬರೆದದ್ದು:

ನಯಾಜ್ ಅವರ ಮಾತು ತೂಕದ್ದು. ಬೇಸಿನ್ನಿಗೆ ಒಬ್ಬರು ಎಂಬ ಲೆಕ್ಕಕ್ಕೆ ಇಳಿಯುವ ಅಂಕಿ ಹೊಂದುವುದಿಲ್ಲ. ಅದು ಹೊಂದುವುದು ಸಹಾಯಕರಿಗೆ: ಗೂಡು ಬೇಯಿಸುವವರು, ಎಳೆಯ ತುದಿ ಹುಡುಕಿಕೊಡುವವರು, ಮರುಸುತ್ತಿಗೆ ನಿಲ್ಲುವವರು. ಬಿಚ್ಚುವವರು ಎದ್ದು ಹೋಗದೆ, ಎಳೆ ತುಂಡಾದಾಗ ಬೇಸಿನ್ ನಿಲ್ಲದೆ ಇದ್ದರೆ ನೂಲು ಹೆಚ್ಚುತ್ತದೆ. ಮೊದಲ ಸಹಾಯಕರಿಂದ ತುಂಬಾ, ಎರಡನೆಯವರಿಂದ ಸ್ವಲ್ಪ ಕಡಿಮೆ. ಪಟದಲ್ಲಿ ‘ಆಳು’ ಎಂಬುದರ ಬದಲು ‘ಬೇಸಿನ್ನಿನವರು, ಸಹಾಯಕರು ಸೇರಿ’ ಎಂದು ಬರೆಯಬಹುದು.

ರೇಟು ಬಿದ್ದ ವಾರದ ಲೆಕ್ಕ. ನೂಲು 5000ದಿಂದ 4700ಕ್ಕೆ ಇಳಿಯಿತು, ಅಂದರೆ ನೂರಕ್ಕೆ 6. ಗೂಡಿನ ದರ ಹಾಗೇ ಇದ್ದರೆ ಕೆಜಿಗೆ ಉಳಿಯುವುದು 700, ಅಂದರೆ ನೂರಕ್ಕೆ 30ರಷ್ಟು ಇಳಿಕೆ. ನಾಲ್ಕನೆಯವರಿಂದ 700, ಐದನೆಯವರಿಂದ 560. ಕೂಲಿ 600. ಆರು ಜನರ ಜಾಗದಲ್ಲಿ ನಾಲ್ಕೇ ಜನ. ಸೀರೆ ಅಂಗಡಿಯಲ್ಲಿ ಸಣ್ಣದಾಗಿ ಕಾಣುವ ಇಳಿಕೆ ಬಿಚ್ಚಾಣಿಕೆಯ ಮನೆಗೆ ಬರುವಷ್ಟರಲ್ಲಿ ದೊಡ್ಡದಾಗುವುದು ಹೀಗೆ. ‘ಜನ್ಯ’ ಎಂಬ ಪದದಲ್ಲಿ ಈ ಏರಿಳಿತ ಕಾಣಿಸದು, ಲೆಕ್ಕ ಹಾಕಿಯೇ ತೋರಿಸಬೇಕು.

ಶ್ರೀಪಾದ ಬರೆದದ್ದು:

ನೂಲಿನ ದರ ಇಳಿದರೆ ಆಳು ಕಡಿಮೆ, ಅದು ನಿಯಮ. ಇದರಲ್ಲಿ ಇಷ್ಟು ವಿಸ್ತಾರವೇಕೆ?

ವೆಂಕಟೇಶ ಬರೆದದ್ದು:

ಅರ್ಧ ಮಾತ್ರ ನಿಜ. ಗೂಡಿನ ಬೇಡಿಕೆಯೂ ನೂಲಿನಿಂದಲೇ ಬಂದದ್ದು. ನೂಲು ಇಳಿದ ಸುದ್ದಿ ಬಂದರೆ ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವರೂ ಕೈ ಬಿಗಿ ಹಿಡಿಯುತ್ತಾರೆ. ಗೂಡು 500ರಿಂದ 460ಕ್ಕೆ ಬಂತೆನ್ನಿ. 7.5 ಕೆಜಿಗೆ 3450, ಖರ್ಚು 250, ಒಟ್ಟು 3700. ನೂಲು 4700. ಉಳಿದದ್ದು ಮತ್ತೆ 1000. ಆರೂ ಜನ ಕೆಲಸದಲ್ಲಿರುತ್ತಾರೆ. ಆಗ ಆ 300 ರೂಪಾಯಿಯ ಇಳಿಕೆ ಪೂರ್ತಿ ಗೂಡು ಬೆಳೆದ ರೈತನ ಮೇಲೆ ಬಿದ್ದಿರುತ್ತದೆ. ಹಣ್ಣಾದ ಗೂಡನ್ನು ಅವನು ಹೆಚ್ಚು ದಿನ ಇಟ್ಟುಕೊಳ್ಳಲಾರ, ಚಿಟ್ಟೆ ಹೊರಗೆ ಬಂದರೆ ಎಳೆ ಕೆಡುತ್ತದೆ. ಆದ್ದರಿಂದ ಬಂದ ದರಕ್ಕೆ ಕೊಡುತ್ತಾನೆ. ಮುಂದಿನ ಬೆಳೆಗೆ ಅವನು ಹಿಪ್ಪುನೇರಳೆ ಕಿತ್ತರೆ ಗೂಡು ಮತ್ತೆ ಏರುತ್ತದೆ, ಆಗ ಹೊಡೆತ ಆಳಿಗೆ.

ಈಗ ಎರಡನೆಯ ಪದ. ಒಂದು ಘಟಕ ಹತ್ತು ಕೆಜಿ ಹೆಚ್ಚು ತಂದರೂ ನೂಲಿನ ಮಾರುಕಟ್ಟೆಯ ದರ ಅಲುಗದು. ಹಾಗಾಗಿ ಹೆಚ್ಚುವರಿ ಕೆಜಿಯ ಆದಾಯವೇ ದರ, ಹೆಚ್ಚಿದ ನೂಲನ್ನು ದರದಿಂದ ಗುಣಿಸಿದ ‘ಸೀಮಾಂತ ಉತ್ಪನ್ನದ ಮೌಲ್ಯ’ ಎಂದರೂ ಅಂಕಿ ಅದೇ. ಪುಸ್ತಕದಲ್ಲಿ ಎರಡೂ ಪದ ಬೇಕು, ಏಕೆಂದರೆ ಒಬ್ಬನೇ ಮಾರುವ ಕಡೆ ಹೆಚ್ಚು ಮಾರಲು ದರ ಇಳಿಸಬೇಕಾಗುತ್ತದೆ, ಎರಡೂ ಬೇರೆಯಾಗುತ್ತವೆ. ಗೋಡೆಪಟಕ್ಕೆ ನನ್ನ ಸಲಹೆ: “ಕೊನೆಗೆ ಸೇರಿದ ಆಳಿನಿಂದ ಹೆಚ್ಚುವ ಗಳಿಕೆ”. ‘ಗಳಿಕೆ’ ಬಸವರಾಜರದೇ.

ಬಸವರಾಜ ಬರೆದದ್ದು:

‘ಗಳಿಕೆ’ ಉಳಿದದ್ದಕ್ಕೆ ಸಂತೋಷ. ಆದರೆ ಪಟಕ್ಕೆ ಸಲ್ಲುವ ಕನ್ನಡ ಪುಸ್ತಕಕ್ಕೆ ಯಾಕೆ ಸಲ್ಲಬಾರದು? ಕಲಿಯುವ ಮಕ್ಕಳಿಗೆ ‘ಸೀಮಾಂತ ಆದಾಯ ಉತ್ಪನ್ನ’, ನೂಲಿನವರಿಗೆ ಕನ್ನಡ. ಈ ಇಬ್ಬಗೆಯಿಂದಲೇ ಓದಿದವರ ಮಾತು ದುಡಿಯುವವರಿಗೆ ಮುಟ್ಟುತ್ತಿಲ್ಲ.

ಗೀತಾ ಬರೆದದ್ದು:

‘ಬೇಸಿನ್’, ‘ಮಲ್ಟಿಎಂಡ್’ ಎಂದು ದುಡಿಯುವವರೇ ಹೇಳುತ್ತಿದ್ದಾರಲ್ಲ ಬಸವರಾಜರೇ, ಅದರ ಮೇಲೆ ನಿಮಗೆ ಸಿಟ್ಟಿಲ್ಲವೇ?

ಬಸವರಾಜ ಬರೆದದ್ದು:

ಅದು ವಸ್ತುವಿನ ಜೊತೆ ಬಂದ ಹೆಸರು. ‘ಸೀಮಾಂತ’ ಯಾವ ವಸ್ತುವಿನ ಜೊತೆ ಬಂತು?

ಪೂರ್ಣಿಮಾ ಬರೆದದ್ದು:

ಪ್ರೆಸ್ಸಿಗೆ ಕಳುಹಿಸಿದ ಸಾಲುಗಳು: “ಆಳಿನ ಬೇಡಿಕೆ ನೂಲಿನ ಬೇಡಿಕೆಯಿಂದ ಬರುತ್ತದೆ. ಕೊನೆಗೆ ಸೇರಿದ ಆಳಿನಿಂದ ಹೆಚ್ಚುವ ಗಳಿಕೆ ಕೂಲಿಗಿಂತ ಕಡಿಮೆಯಾಗುವ ಮೊದಲು ನಿಲ್ಲಿಸಿ. ಗಳಿಕೆಯ ಲೆಕ್ಕದಲ್ಲಿ ಗೂಡು, ಸೌದೆ, ಕರೆಂಟಿನ ಖರ್ಚು ಕಳೆಯಿರಿ.” ‘ಸಮ’ ಎಂಬುದನ್ನು ಬಿಟ್ಟೆ. ಆಳು ಒಬ್ಬೊಬ್ಬರಾಗಿಯೇ ಬರುವುದರಿಂದ ಎಲ್ಲ ಕಡೆ ಸರಿಯಾಗಿ ಸಮ ಬೀಳುವುದಿಲ್ಲ. ರೇಟು ಇಳಿದ ವಾರದ ಎರಡೂ ಲೆಕ್ಕ ಪಕ್ಕದಲ್ಲಿ ಸೇರಿವೆ.

ನಯಾಜ್ ಬರೆದದ್ದು:

ಪಟ ಚೆನ್ನಾಗಿದೆ ಮೇಡಂ. ಒಂದು ಉಳೀತು. ಮುಂಗಡ ಕೊಟ್ಟು ಇಟ್ಟುಕೊಂಡ ಆಳು ಬೇರೆ ಕಡೆ 650 ಕೊಟ್ಟರೂ ಹೋಗೋಕೆ ಆಗಲ್ಲ. ಅವರ ಕೂಲಿ ಈ ಲೆಕ್ಕದಲ್ಲಿ ಎಲ್ಲಿ ಬರುತ್ತೆ?

ವೆಂಕಟೇಶ ಬರೆದದ್ದು:

ಈ ಲೆಕ್ಕದಲ್ಲಿ ಬರುವುದಿಲ್ಲ. ಇಲ್ಲಿ ಘಟಕ ಪೇಟೆಯ ಕೂಲಿಯನ್ನು ಒಪ್ಪಿಕೊಂಡು ಆಳಿನ ಸಂಖ್ಯೆ ನಿರ್ಧರಿಸುತ್ತದೆ. ಮುಂಗಡದಿಂದ ಕಟ್ಟುಬಿದ್ದವರಿಗೆ ಪೇಟೆಯೇ ಇಲ್ಲ, ಕೂಲಿ ಅವರಿಂದ ಹೆಚ್ಚುವ ಗಳಿಕೆಗಿಂತ ಕೆಳಗೇ ನಿಲ್ಲಬಹುದು. ಮುಂಗಡವನ್ನು ಬಡ್ಡಿಯಿಲ್ಲದ ಸಾಲ ಎಂದು ಲೆಕ್ಕಕ್ಕೆ ಹಿಡಿಯಬೇಕು ಎನ್ನುವವರಿದ್ದಾರೆ, ಹಿಡಿದರೂ ಅಂತರ ಪೂರ್ತಿ ಮುಚ್ಚುತ್ತದೆಯೇ ಎಂಬುದು ಮುಂಗಡದ ಮೊತ್ತ, ಅವಧಿ ನೋಡಿ ಹೇಳಬೇಕಾದ ಮಾತು. ಒಬ್ಬನೇ ಕೊಳ್ಳುವವನಿರುವ ಪೇಟೆಗೆ ಕನ್ನಡದಲ್ಲಿ ಏನೆನ್ನಬೇಕು ಎಂಬುದಕ್ಕೆ ಬೇರೆ ಎಳೆ ತೆಗೆಯಿರಿ.