ಹೆಬ್ಬೆರಳಿನ ನೋವು ಬೇರೆ, ಬೆರಳು ಮಡಚುವುದು ಬೇರೆ

ಕಳೆದ ಸಂಚಿಕೆಯಲ್ಲಿ ಕುಮಟಾ ಕಡೆಯ ಓದುಗರೊಬ್ಬರು ತಮ್ಮ ತೊಂದರೆ ಬರೆದಿದ್ದರು. ಮನೆಯಲ್ಲೇ ಬ್ಲೌಸ್ ಹೊಲಿಯುವ ಅವರಿಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ನೋವು. ಮದುವೆ ಹಂಗಾಮಿನಲ್ಲಿ ಬೆಳಿಗ್ಗೆ ಎಂಟು ಬ್ಲೌಸಿನ ಬಟ್ಟೆಯನ್ನು ಒಟ್ಟಿಗೇ ಕತ್ತರಿಸುತ್ತಾರೆ, ಐದನೆಯದಕ್ಕೆ ಬರುವಷ್ಟರಲ್ಲಿ ಕೈ ಸಿಡಿಯತೊಡಗುತ್ತದೆ. ಯಕ್ಷಗಾನದಲ್ಲಿ ಮದ್ದಳೆ ನುಡಿಸುವ ಅವರ ತಮ್ಮನಿಗೆ ನೋವೇ ಇಲ್ಲ, ಆದರೆ ನುಡಿಸುವಾಗ ಉಂಗುರ ಬೆರಳು ತಾನಾಗಿ ಒಳಗೆ ಮಡಚಿಕೊಳ್ಳುತ್ತದೆ. 'ಇಬ್ಬರ ಕೈಯೂ ಸೋತಿದೆ, ಎಣ್ಣೆ ತಿಕ್ಕಿ ಎರಡು ತಿಂಗಳು ಸುಮ್ಮನಿರಿ' ಎನ್ನುತ್ತಾರೆ ತಾಯಿ. ಇಬ್ಬರಿಗೂ ಒಂದೇ ಮದ್ದೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ.

ಶಿರಸಿಯಿಂದ, ಹೊಲಿಗೆ ಅಂಗಡಿ ನಡೆಸುವವರು

ತಂಗೀ, ಎರಡು ತಿಂಗಳು ಮಷಿನ್ ಮುಚ್ಚಿಟ್ಟರೆ ಗಿರಾಕಿಗಳು ಬೇರೆ ಬಾಗಿಲಿಗೆ ಹೋಗುತ್ತಾರೆ, ಅದು ನನಗೂ ಗೊತ್ತು. ನಿನ್ನ ಪತ್ರದಲ್ಲೇ ದಾರಿ ಇದೆ. ಐದನೆಯ ಬ್ಲೌಸಿಗೆ ನೋವು ಶುರುವಾಗುತ್ತದೆ ಎಂದೆಯಲ್ಲ, ಹಾಗಾದರೆ ಮೂರಕ್ಕೇ ಕತ್ತರಿ ಕೆಳಗಿಡು. ನೋವು ಬಂದ ಮೇಲೆ ನಿಲ್ಲಿಸುವುದಲ್ಲ, ಬರುವ ಮುಂಚೆ. ಮೂರು ಕತ್ತರಿಸಿ ಆ ಮೂರಕ್ಕೂ ಮಷಿನ್ ಹೊಲಿಗೆ ಹಾಕು. ಆಗ ಬಟ್ಟೆ ದೂಡುವ ಕೆಲಸ ಮಾತ್ರ, ಹೆಬ್ಬೆರಳು ಅಷ್ಟು ದುಡಿಯುವುದಿಲ್ಲ. ಊಟವಾದ ಮೇಲೆ ಇನ್ನೆರಡು ಕತ್ತರಿಸು. ದಿನಕ್ಕೆ ಎಂಟರ ಬದಲು ಐದಾಯಿತು, ಮೂರು ಕಡಿಮೆ, ನಿಜ. ಆದರೆ ಒಂದು ವಾರ ಹೀಗೆ ನಡೆಸಿ ಬೆಳಿಗ್ಗೆ ಎದ್ದಾಗ ಕೈ ಹಗುರವಿದೆಯೇ ನೋಡು. ಹಗುರವಿದ್ದರೆ ಒಂದು ಹೆಚ್ಚಿಸು. ಹಿಂದಿನ ದಿನದ ನೋವು ಮರುದಿನ ಬೆಳಿಗ್ಗೆಯೂ ಉಳಿದಿದ್ದರೆ ಒಂದು ಇಳಿಸು. ಈ ಲೆಕ್ಕವನ್ನು ಅಳತೆ ಪುಸ್ತಕದ ಕೊನೆಯ ಪುಟದಲ್ಲೇ ಬರೆದಿಡು. ಕೈ ಚೆನ್ನಾಗಿದೆ ಅನ್ನಿಸಿದ ದಿನ ಎಂಟಕ್ಕೆ ಹಾರುವ ಆಸೆ ಬರುತ್ತದೆ, ಎಲ್ಲರ ಕೈಯೂ ಮತ್ತೆ ಕೆಡುವುದು ಆ ದಿನವೇ.

ಇನ್ನು ಕತ್ತರಿ. ಮೊಂಡಾದ ಕತ್ತರಿಗೆ ಸಾಣೆ ಹಿಡಿಸದೆ ಯಾವ ಮುಲಾಮು ಹಚ್ಚಿದರೂ ವ್ಯರ್ಥ. ರೇಷ್ಮೆ ಮತ್ತು ಲೈನಿಂಗ್ ಸೇರಿಸಿ ನಾಲ್ಕು ಪದರ ಒಟ್ಟಿಗೆ ಕತ್ತರಿಸುವ ಬದಲು ಎರಡೆರಡು ಪದರ ಕತ್ತರಿಸು. ಸಮಯ ಸ್ವಲ್ಪ ಹೆಚ್ಚು ಹೋಗುತ್ತದೆ, ಹೆಬ್ಬೆರಳಿನ ಮೇಲೆ ಬೀಳುವ ಒತ್ತಡ ತುಂಬಾ ಇಳಿಯುತ್ತದೆ. ಕತ್ತರಿಯ ಹೆಬ್ಬೆರಳು ತೂರುವ ಬಳೆಗೆ ಹಳೆ ಬಟ್ಟೆಯ ಪಟ್ಟಿ ಸುತ್ತಿದರೆ ಕೊರೆಯುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ ಬಗ್ಗಿ ಕತ್ತರಿಸುತ್ತಿದ್ದರೆ ಅದನ್ನು ಮೊದಲು ಬಿಡು. ನಿಂತಾಗ ಮೊಣಕೈ ಮಟ್ಟಕ್ಕೆ ಬರುವ ಮೇಜು ಸಾಕು. ಕತ್ತರಿಯ ಕೆಳಗಿನ ಅಲಗು ಮೇಜಿನ ಮೇಲೇ ಒರಗಿ ಜಾರಬೇಕು, ಕತ್ತರಿಯ ಭಾರವನ್ನು ಕೈ ಹೊರಬಾರದು.

ಹುಕ್ಕು ಮತ್ತು ಹೆಮ್ಮಿಂಗನ್ನು ರಾತ್ರಿಗೆ ಗುಡ್ಡೆ ಹಾಕಿಡುವ ಅಭ್ಯಾಸ ನಮ್ಮಲ್ಲಿ ಹೆಚ್ಚಿನವರಿಗೆ ಇದೆ. ಸೂಜಿ ಚಿವುಟಿ ಹಿಡಿಯುವುದೂ ಅದೇ ಹೆಬ್ಬೆರಳು. ಅಂಗುಸ್ತಾನ ಹಾಕಿಕೊ, ಒಂದು ಬ್ಲೌಸಿನ ಹುಕ್ಕು ಮುಗಿಸಿ ಮಷಿನಿಗೆ ಹೋಗು. ಹತ್ತಿರದ ಹುಡುಗಿಯರಿಗೆ ಬ್ಲೌಸಿಗೆ ಇಷ್ಟು ಎಂದು ಕೊಟ್ಟು ಹುಕ್ಕು ಹಾಕಿಸಿದರೆ ನಷ್ಟ ಅನ್ನಿಸಬಹುದು, ಆದರೆ ನಿನ್ನ ಕೈಗೆ ದರ ಬರುವುದು ಕಟಿಂಗಿನಿಂದ, ಹುಕ್ಕಿನಿಂದಲ್ಲ. ಗಿರಾಕಿಗೆ ತಾರೀಖು ಹೇಳುವಾಗಲೇ ನಾಲ್ಕು ದಿನ ಮುಂದೆ ಹೇಳು.

ಕಾರವಾರದಿಂದ, ಫಿಜಿಯೋಥೆರಪಿಸ್ಟ್

ಅಕ್ಕ, ಕೈ ಮುಟ್ಟಿ ನೋಡದೆ ಖಚಿತ ಹೇಳಲಾಗದು. ಆದರೂ ನೀವು ಹೇಳಿದ ಜಾಗ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಅಂಚಿಗೆ, ಬಹಳ ಪರಿಚಿತ. ಹೆಬ್ಬೆರಳನ್ನು ಹಿಗ್ಗಿಸುವ ಎರಡು ಸ್ನಾಯುರಜ್ಜುಗಳು ಅಲ್ಲಿ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಓಡಾಡುತ್ತವೆ, ಲಂಗದ ನೇಫಾದೊಳಗೆ ಲಾಡಿ ಓಡಿದ ಹಾಗೆ. ಒಂದೇ ಚಲನೆ ದಿನವಿಡೀ ನಡೆದಾಗ ಕೊಳವೆಯ ಗೋಡೆ ದಪ್ಪವಾಗಿ ದಾರಿ ಇನ್ನೂ ಇಕ್ಕಟ್ಟಾಗುತ್ತದೆ. ಡಿ ಕ್ವರ್ವೈನ್ ಎಂಬ ಸ್ವಿಸ್ ಶಸ್ತ್ರವೈದ್ಯರು 1895ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತೇವೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಅದೇ ಜಾಗದಲ್ಲಿ ಚುಳ್ಳೆಂದರೆ ಅನುಮಾನ ಗಟ್ಟಿ. ಮೆಲ್ಲಗೆ ಎಂದೆ, ಜೋರಾಗಿ ಬಾಗಿಸಿದರೆ ಸರಿಯಿರುವ ಕೈಯೂ ನೋಯುತ್ತದೆ.

ಬೇರೆ ಎರಡನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು, ಎದ್ದು ಕೈ ಕೊಡವಿದರೆ ಸರಿಹೋಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣ. ಬೆರಳು ಮಡಚಿದ್ದು ಬಿಡಿಸುವಾಗ 'ಟಕ್' ಎಂದು ಸಿಕ್ಕಿ ಬಿಡುತ್ತಿದ್ದರೆ ಅದು ಇನ್ನೊಂದು ತೊಂದರೆ. ಎರಡೂ ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಹೆಚ್ಚು, ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು.

ನಿಮ್ಮದು ನಾನು ಮೊದಲು ಹೇಳಿದ ಹೆಬ್ಬೆರಳಿನ ಕೊಳವೆಯ ತೊಂದರೆಯೇ ಆಗಿದ್ದರೆ ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಬೇಕು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬರೀ ಮಣಿಕಟ್ಟಿನ ಎಲಾಸ್ಟಿಕ್ ಪಟ್ಟಿ ಹೆಬ್ಬೆರಳನ್ನು ನಿಲ್ಲಿಸುವುದಿಲ್ಲ. ರಾತ್ರಿ ಮತ್ತು ಹೊಲಿಗೆ ಬಿಟ್ಟ ಹೊತ್ತಿನಲ್ಲಿ ಕೆಲವು ವಾರ ಹಾಕಿ, ನಡುವೆ ತೆಗೆದು ಬೆರಳನ್ನು ನೋವಿಲ್ಲದಷ್ಟು ಆಡಿಸಿ, ಇಲ್ಲದಿದ್ದರೆ ಬಿಗಿತ ಬರುತ್ತದೆ. ಎಣ್ಣೆ ಹಚ್ಚಿ, ಅಡ್ಡಿಯಿಲ್ಲ, ಆದರೆ ನೋವಿರುವ ಜಾಗವನ್ನು ಒತ್ತಿ ತಿಕ್ಕಬಾರದು. ಹೊಲಿಗೆಯಲ್ಲಿ ಉಳಿಸಿದ ಹೆಬ್ಬೆರಳನ್ನು ಅಡುಗೆಮನೆಯಲ್ಲಿ ಖರ್ಚು ಮಾಡುವವರನ್ನು ದಿನವೂ ನೋಡುತ್ತೇನೆ. ಒದ್ದೆ ಬಟ್ಟೆ ಹಿಂಡುವುದು, ಮೀನು ಸ್ವಚ್ಛ ಮಾಡುವುದು, ತೆಂಗಿನಕಾಯಿ ತುರಿಯುವುದು, ಮೊಬೈಲಿನಲ್ಲಿ ಹೆಬ್ಬೆರಳಿಂದ ಬರೆಯುವುದು, ಇವೆಲ್ಲ ಅದೇ ಕೊಳವೆಯ ಲೆಕ್ಕಕ್ಕೆ ಸೇರುತ್ತವೆ. ಇಷ್ಟಾಗಿಯೂ ಆರು ವಾರದಲ್ಲಿ ಇಳಿಯದಿದ್ದರೆ ಮೂಳೆ ತಜ್ಞರ ಬಳಿ ಹೋಗಿ. ಕೊಳವೆಯೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನಿಂದ ಬಹಳ ಜನರಿಗೆ ಗುಣ ಸಿಗುತ್ತದೆ. ಚುಚ್ಚಿದಲ್ಲಿ ಚರ್ಮ ಬಿಳಿಚಿಕೊಳ್ಳಬಹುದು, ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರಬಹುದು, ಅದನ್ನು ಮೊದಲೇ ಕೇಳಿಕೊಳ್ಳಿ. ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗೆ ಮಾತ್ರ.

ತಮ್ಮನವರ ವಿಷಯ ಇದಲ್ಲ. ಅವರನ್ನು ನನ್ನಂಥವರ ಬಳಿ ಮೊದಲು ಕಳಿಸಬೇಡಿ, ನರರೋಗ ತಜ್ಞರಲ್ಲಿಗೆ ಕಳಿಸಿ.

ಶಿರಸಿ ಸಮೀಪದಿಂದ, ತಬಲಾ ವಾದಕರು

ತಮ್ಮನಿಗಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದು ನನ್ನದೇ ಕಥೆ. ತಬಲಾದಲ್ಲಿ 'ನಾ' ನುಡಿಸುವಾಗ ಉಂಗುರ ಬೆರಳು ನಡುವಿನ ಕಪ್ಪು ಕರಣೆಯ ಅಂಚಿನಲ್ಲಿ ಹಗುರವಾಗಿ ಕೂತಿರಬೇಕು, ತೋರುಬೆರಳು ತಬಲಾದ ಹೊರ ಅಂಚಿಗೆ ಬಡಿಯಬೇಕು. ನನ್ನ ಉಂಗುರ ಬೆರಳು ಕೂರುತ್ತಿರಲಿಲ್ಲ, ಅಂಗೈ ಕಡೆ ಸೇದಿಕೊಳ್ಳುತ್ತಿತ್ತು. ನೋವಿಲ್ಲ, ಊತವಿಲ್ಲ. ಊಟ ಮಾಡುವಾಗ, ಅಡಿಕೆ ಸುಲಿಯುವಾಗ, ಬೈಕ್ ಓಡಿಸುವಾಗ ಬೆರಳು ಹೇಳಿದ ಮಾತು ಕೇಳುತ್ತಿತ್ತು. ತಬಲಾದ ಮುಂದೆ ಕೂತರೆ ಮಾತ್ರ ಹಟ. ವಿಳಂಬಿತದಲ್ಲಿ ಸರಿ, ಲಯ ಏರಿದರೆ ಸೇದುತ್ತಿತ್ತು. ಎಲ್ಲರೂ ರಿಯಾಜ್ ಹೆಚ್ಚಿಸು ಅಂದರು. ಹೆಚ್ಚಿಸಿದಷ್ಟೂ ಸೇದುವುದು ಹೆಚ್ಚಾಯಿತು. ತಮ್ಮನಿಗೂ ಹಾಗೇ ಆಗುತ್ತಿದೆಯೇ ಕೇಳಿ.

ಡಾಕ್ಟರು ಹೇಳಿದ್ದು ಇಷ್ಟು: ತೊಂದರೆ ಕೈಯಲ್ಲಿಲ್ಲ, ಕೈಯನ್ನು ಆಡಿಸುವ ಮಿದುಳಿನ ಭಾಗದಲ್ಲಿ. ವರ್ಷಗಟ್ಟಲೆ ಸೂಕ್ಷ್ಮ ಚಲನೆಯನ್ನು ಮತ್ತೆ ಮತ್ತೆ ಮಾಡಿದ ಕೆಲವರಲ್ಲಿ ಅಕ್ಕಪಕ್ಕದ ಬೆರಳುಗಳಿಗೆ ಹೋಗುವ ಆಜ್ಞೆಗಳು ಕಲಸಿಹೋಗುತ್ತವೆ. ಗುಮಾಸ್ತರಿಗೆ ಪೆನ್ನು ಹಿಡಿದಾಗ ಮಾತ್ರ ಕೈ ಗಟ್ಟಿಯಾಗುವ 'ರೈಟರ್ಸ್ ಕ್ರ್ಯಾಂಪ್' ಇದರ ಅಣ್ಣ. ಇಟಲಿಯ ವೈದ್ಯ ರಮಾಝಿನಿ 1713ರಲ್ಲೇ ಬರಹಗಾರರ ಕೈಯ ತೊಂದರೆ ಬರೆದಿಟ್ಟಿದ್ದಾರಂತೆ. ನನ್ನಂಥ ಬೆರಳು ಸೇದುವ ತೊಂದರೆ ವೃತ್ತಿಪರ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದಂತೆ. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ 1960ರ ದಶಕದಲ್ಲಿ ಬಲಗೈ ಕಳೆದುಕೊಂಡಂತಾಗಿ ದಶಕಗಳ ಕಾಲ ಎಡಗೈಯಲ್ಲೇ ನುಡಿಸಿದರು, 1990ರ ದಶಕದಲ್ಲಿ ಬೊಟುಲಿನಮ್ ಚುಚ್ಚುಮದ್ದಿನ ನಂತರ ಎರಡೂ ಕೈಯಲ್ಲಿ ನುಡಿಸಿದರು. ಆ ಮದ್ದು ಸೇದುವ ಸ್ನಾಯುವನ್ನು ಸ್ವಲ್ಪ ಬಲಹೀನ ಮಾಡುತ್ತದೆ, ಮೂರು ತಿಂಗಳಷ್ಟು ಕಾಲ. ಪ್ರಮಾಣ ಹೆಚ್ಚಾದರೆ ಬೆರಳು ಸಡಿಲವಾಗಿ ನುಡಿಸಲೇ ಆಗದು. ಇಂಥ ಕೈಗಳನ್ನು ನೋಡಿ ಪಳಗಿದ ತಜ್ಞರಿಂದಲೇ ಆಗಬೇಕು.

ನಾನು ಹಿಡಿದದ್ದು ಮರುಕಲಿಕೆಯ ದಾರಿ. ಬೆರಳು ಸೇದಲು ಶುರುವಾಗುವ ಲಯ ಗುರುತಿಸಿ, ಅದಕ್ಕಿಂತ ಕೆಳಗಿನ ಲಯದಲ್ಲಿ ಮಾತ್ರ, ಒಂದು ಸಲಕ್ಕೆ ಹತ್ತು ನಿಮಿಷ. ಸೇದಿತೋ, ಅಲ್ಲಿಗೆ ನಿಲ್ಲಿಸಬೇಕು. ಸೇದಿದ ಬೆರಳಿನಲ್ಲೇ ನುಡಿಸುತ್ತ ಹೋದರೆ ತಪ್ಪು ಚಲನೆಯನ್ನೇ ಗಟ್ಟಿ ಮಾಡಿಕೊಂಡಂತೆ. ಬೆರಳಿಗೆ ತೆಳು ಪಟ್ಟಿ ಸುತ್ತಿದರೆ ಕೆಲವರಿಗೆ ಬೆರಳು ಅರೆಗಳಿಗೆ ಸರಿಯಾಗುತ್ತದೆ, ನನಗೂ ಆಗುತ್ತದೆ. ಪೂರ್ತಿ ಗುಣವಾಗಿಲ್ಲ. ದ್ರುತದ ಸೋಲೋ ಬಿಟ್ಟೆ, ಭಜನೆಗೂ ಗಾಯನಕ್ಕೂ ಸಾಥ್ ಕೊಡುತ್ತೇನೆ. ಮೇಳದ ತಿರುಗಾಟ ನವೆಂಬರಿನಿಂದ ಮೇ ತನಕ ರಾತ್ರಿಯಿಡೀ. ತಮ್ಮನಿಗೆ ಆ ಮಧ್ಯೆ ಪಾಳಿ ಹಂಚಿಕೊಳ್ಳುವ ಇನ್ನೊಬ್ಬ ಮದ್ದಳೆಯವರು ಸಿಕ್ಕರೆ ಈ ವರ್ಷವೇ ಕೇಳಲಿ, ಆದರೆ ಬರೀ ವಿಶ್ರಾಂತಿಯಿಂದ ಇದು ಹೋಗುವುದಿಲ್ಲ.

ಸಿದ್ದಾಪುರದಿಂದ, ಇಳಕಲ್ ತವರಿನವರು

ನಮ್ಮ ತವರಲ್ಲಿ ಕುಣಿಮಗ್ಗ. ಬಲಗೈ ಹಗ್ಗ ಜಗ್ಗಿ ಲಾಳಿ ಓಡಿಸುವುದು, ಎಡಗೈ ಹಲಗೆ ಬಡಿಯುವುದು. ಕೈ ಬದಲಿಸಲು ಆಗದ ಕೆಲಸ. ಅಪ್ಪ ಒಂದಷ್ಟು ಲಾಳಿಯ ನೂಲು ಖಾಲಿಯಾದ ಮೇಲೆ ಎದ್ದು ಬಂದು ತಾವೇ ಕಂಡಿಕೆ ಸುತ್ತುತ್ತಿದ್ದರು. ಸುತ್ತುವ ಕೆಲಸ ಅವ್ವ ಮಾಡಿಡುತ್ತಿದ್ದಳು, ಆದರೂ ಒಂದು ಪಾಲು ತಮಗೇ ಉಳಿಸಿಕೊಳ್ಳುತ್ತಿದ್ದರು. ಆಗ ಜಗ್ಗುವ ಭುಜ ಬಿಡುವು ಪಡೆಯುತ್ತಿತ್ತು, ಕೂಲಿಯೂ ನಿಲ್ಲುತ್ತಿರಲಿಲ್ಲ. ಅಕ್ಕ, ನಿಮ್ಮಲ್ಲಿ ಇಸ್ತ್ರಿ, ಫಾಲ್ ಹಚ್ಚುವುದು, ಗುಂಡಿ, ಅಳತೆ ತೆಗೆಯುವುದು ಇವುಗಳಲ್ಲಿ ಯಾವುದು ಹೆಬ್ಬೆರಳಿಗೆ ಭಾರವಿಲ್ಲವೋ ನೋಡಿ, ಅದನ್ನು ಕಟಿಂಗಿನ ನಡುವೆ ಹಾಕಿಕೊಳ್ಳಿ. ಇಸ್ತ್ರಿಪೆಟ್ಟಿಗೆ ಮಾತ್ರ ಎಡಗೈಯಲ್ಲಿ ಹಿಡಿಯಲು ಕಲಿಯಿರಿ.